ಮಿಡಿ ಚಿರುಟಿತು, ದ್ರಾಕ್ಷಿ ಉಬ್ಬಿತು

ಶಿರಸಿ, ಸಿದ್ದಾಪುರದ ಕಡೆ ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕುವಾಗ ಭರಣಿಗೆ ಒಂದು ಹನಿ ನೀರೂ ಬೀಳಬಾರದು ಎಂದು ಎಲ್ಲರೂ ಜೋಪಾನ ಮಾಡುತ್ತಾರೆ. ಮಿಡಿಯನ್ನು ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಆರಿಸಿ, ಒಂದು ಪದರ ಮಿಡಿ ಒಂದು ಪದರ ಹರಳುಪ್ಪು ಎಂದು ತುಂಬುತ್ತಾರೆ. ಅಷ್ಟೆಲ್ಲ ಮಾಡಿಯೂ ಕೆಲವು ದಿನ ಬಿಟ್ಟು ಮುಚ್ಚಳ ತೆಗೆದರೆ ಭರಣಿಯ ತುಂಬಾ ನೀರು! ಮಿಡಿಗಳು ಚಿರುಟಿ, ಅರ್ಧ ಮುಳುಗಿ ಕೂತಿರುತ್ತವೆ. ಆ ನೀರೆಲ್ಲ ಮಿಡಿಯದೇ. ನೂರು ಗ್ರಾಂ ಎಳೆಯ ಮಿಡಿಯಲ್ಲಿ ಸುಮಾರು 85 ಗ್ರಾಂ ನೀರೇ ಇರುತ್ತದೆ.

ಉಪ್ಪು ನೀರನ್ನು ಎಳೆಯುತ್ತದೆ ಎಂದು ನಾವು ಹೇಳಿಬಿಡುತ್ತೇವೆ. ಮಾತು ತಪ್ಪಲ್ಲ, ಆದರೆ ಅಲ್ಲಿಗೆ ನಿಲ್ಲಿಸಿದರೆ ಮುಂದಿನದು ಏನೂ ಅರ್ಥವಾಗುವುದಿಲ್ಲ. ಮಿಡಿ ಲಕ್ಷಾಂತರ ಜೀವಕೋಶಗಳ ಗಂಟು. ಒಂದೊಂದು ಕೋಶಕ್ಕೂ ತೆಳ್ಳನೆಯ ಪೊರೆ ಇದೆ. ಆ ಪೊರೆಯಲ್ಲಿ ನೀರು ಸಲೀಸಾಗಿ ಓಡಾಡುತ್ತದೆ. ಉಪ್ಪು, ಸಕ್ಕರೆ ಸುಲಭವಾಗಿ ದಾಟಲಾರವು. ನೀರಿನ ಕಣಗಳು ಎರಡೂ ಕಡೆಯಿಂದ ಸದಾ ದಾಟುತ್ತಲೇ ಇರುತ್ತವೆ. ಆದರೆ ಉಪ್ಪು ಕರಗಿರುವ ಕಡೆ ನೀರು ಅಷ್ಟು ಸ್ವತಂತ್ರವಾಗಿರುವುದಿಲ್ಲ. ಉಪ್ಪಿನ ಕಣಗಳ ಸುತ್ತ ಸಿಕ್ಕಿಕೊಂಡು, ಆ ಕಡೆಯಿಂದ ಹೊರಡುವ ನೀರಿನ ಕಣಗಳು ಕಡಿಮೆಯಾಗುತ್ತವೆ. ಹೋಗುವುದು ಹೆಚ್ಚು, ಬರುವುದು ಕಡಿಮೆ. ಲೆಕ್ಕ ಹಾಕಿದರೆ ನೀರು ಉಪ್ಪಿನ ಕಡೆಗೆ ಸರಿಯುತ್ತದೆ. ಶಾಲೆಯ ಪುಸ್ತಕದಲ್ಲಿ ಅಭಿಸರಣೆ ಅಥವಾ ಆಸ್ಮಾಸಿಸ್ ಎಂದು ಓದಿದ್ದು ಇದನ್ನೇ.

ಅಡುಗೆಮನೆಯಲ್ಲಿ ಇದನ್ನು ಅರ್ಥಮಾಡಿಕೊಳ್ಳಲು ಒಂದೇ ಅಳತೆ ಸಾಕು. ಆಹಾರ ವಿಜ್ಞಾನದವರು ಒಂದು ಪದಾರ್ಥದಲ್ಲಿ ನೀರು ಎಷ್ಟು ಸ್ವತಂತ್ರವಾಗಿದೆ ಎಂಬುದಕ್ಕೆ ಅಂಕಿ ಕೊಡುತ್ತಾರೆ. ಶುದ್ಧ ನೀರಿಗೆ 100 ಎಂದಿಟ್ಟುಕೊಳ್ಳೋಣ. ಕಾರವಾರದ ಸಮುದ್ರದ ನೀರಿಗೆ ಸುಮಾರು 98. ಹಸಿ ಮಿಡಿಗೂ ಹೆಚ್ಚುಕಮ್ಮಿ ಅಷ್ಟೇ. ಇನ್ನು ಉಪ್ಪು ಹಿಡಿಸುವಷ್ಟೂ ಹಿಡಿಸಿ, ತಳದಲ್ಲಿ ಹರಳು ಕರಗದೆ ಉಳಿದ ಉಪ್ಪುನೀರಿಗೆ 75. ನೀರು ಯಾವಾಗಲೂ ದೊಡ್ಡ ಅಂಕಿಯಿಂದ ಸಣ್ಣ ಅಂಕಿಯ ಕಡೆ ಹೋಗುತ್ತದೆ. ಈ ಒಂದು ನಿಯಮವನ್ನು ಹಿಡಿದುಕೊಳ್ಳಿ.

ಅಂಕಿಗಳ ನಡುವಿನ ವ್ಯತ್ಯಾಸ ಸಣ್ಣದು ಅನ್ನಿಸಬಹುದು. ಅದು ತಳ್ಳುವ ಬಲ ನೋಡಿದರೆ ಹಾಗನ್ನಿಸುವುದಿಲ್ಲ. ಪೊರೆಯ ಒಂದು ಕಡೆ ಸಿಹಿನೀರು, ಇನ್ನೊಂದು ಕಡೆ ಸಮುದ್ರದ ನೀರು ಇಟ್ಟರೆ, ಸಿಹಿನೀರು ಆ ಕಡೆ ನುಗ್ಗುವುದನ್ನು ತಡೆಯಲು ಸಮುದ್ರದ ನೀರಿನ ಮೇಲೆ ವಾತಾವರಣದ ಒತ್ತಡದ ಸುಮಾರು 27 ಪಟ್ಟು ಒತ್ತಬೇಕು. ಹಾಗೆ ತಡೆಯಲು ಬೇಕಾದ ಒತ್ತಡವೇ ಅಭಿಸರಣಾ ಒತ್ತಡ. ತಳದಲ್ಲಿ ಹರಳು ಉಳಿದ ಗಟ್ಟಿ ಉಪ್ಪುನೀರಿಗೆ ಈ ಒತ್ತಡ 380 ಪಟ್ಟಿನ ಆಸುಪಾಸು. ಅಂದರೆ ಲಾರಿ ಟೈರಿನೊಳಗಿನ ಗಾಳಿಯ ಒತ್ತಡದ ನಲವತ್ತು ಪಟ್ಟಿಗೂ ಜಾಸ್ತಿ. ಕಲ್ಲಿನಂತಿದ್ದ ಮಿಡಿ ಚಿರುಟಿಹೋಗುವುದರಲ್ಲಿ ಆಶ್ಚರ್ಯವೇನು?

ಆದರೂ ಅದು ಒಂದೇ ದಿನಕ್ಕೆ ಆಗುವುದಿಲ್ಲ. ಮಿಡಿಯ ಸಿಪ್ಪೆಗೆ ಮೇಣದ ಪದರವಿದೆ, ನೀರು ನಿಧಾನವಾಗಿ ಹೊರಬರುತ್ತದೆ. ಒಣ ಹರಳು ತಾನಾಗಿ ಏನೂ ಮಾಡಲಾರದು. ಸಿಪ್ಪೆಯ ಮೇಲಿನ ತೇವದಲ್ಲಿ ಮೊದಲು ಸ್ವಲ್ಪ ಕರಗಬೇಕು. ಆ ಗಟ್ಟಿ ಉಪ್ಪುನೀರು ಒಳಗಿನ ನೀರನ್ನು ಕರೆಯುತ್ತದೆ. ಬಂದ ನೀರು ಇನ್ನಷ್ಟು ಹರಳನ್ನು ಕರಗಿಸುತ್ತದೆ. ಹೀಗೆ ಕೆಲಸ ಸಾಗುತ್ತದೆ.

ಇಲ್ಲಿಂದ ಮುಂದಿನದನ್ನು ಪಾಠದಲ್ಲಿ ಸಾಮಾನ್ಯವಾಗಿ ಹೇಳುವುದಿಲ್ಲ. ನೀರು ಕಳೆದುಕೊಂಡ ಕೋಶದ ಪೊರೆ ಕುಗ್ಗಿ, ಹೊರಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಕೆಲವು ದಿನಗಳಲ್ಲಿ ಕೋಶ ಸತ್ತೇ ಹೋಗುತ್ತದೆ. ಸತ್ತ ಕೋಶದ ಪೊರೆ ಕಾವಲು ಕಾಯುವುದಿಲ್ಲ. ಈಗ ಉಪ್ಪು ಒಳಗೆ ಇಳಿಯಲು ಶುರುವಾಗುತ್ತದೆ. ಇದು ಅಭಿಸರಣೆಯಲ್ಲ, ಸುಮ್ನೆ ಹರಡಿಕೊಳ್ಳುವುದು. ಅಂದರೆ ಮಿಡಿ ಚಿರುಟುವುದು ಅಭಿಸರಣೆಯ ಕೆಲಸ, ಉಪ್ಪು ಹಿಡಿಯುವುದು ಅದರ ನಂತರದ ಕೆಲಸ. ಇವು ಬೇರೆ ಬೇರೆ ಎಂದು ತಿಳಿದಿದ್ದರೆ ಅವಸರ ಮಾಡುವುದಿಲ್ಲ. ಚಿರುಟಿದೆ ಅಂದಮಾತ್ರಕ್ಕೆ ಉಪ್ಪು ನಡುವಿನವರೆಗೆ ಇಳಿದಿದೆ ಎಂದಲ್ಲ. ಒಂದು ಮಿಡಿಯನ್ನು ಅಡ್ಡ ಕೊಯ್ದು ನೋಡಿ. ನಡುವೆ ಹಸಿಯಾಗಿ ಬೆಳ್ಳಗಿನ ಭಾಗ ಉಳಿದಿದ್ದರೆ ಇನ್ನೂ ಕಾಯಬೇಕು. ಬಣ್ಣ ಅಂಚಿನಿಂದ ಬೀಜದವರೆಗೆ ಒಂದೇ ಆಗಿದ್ದರೆ ಉಪ್ಪು ಹಿಡಿದಿದೆ.

ಮಿಡಿಗೆ ಆದ ಗತಿಯೇ ಅದನ್ನು ಕೆಡಿಸಲು ಬರುವ ಜೀವಿಗಳಿಗೂ ಆಗುತ್ತದೆ. ಬ್ಯಾಕ್ಟೀರಿಯಾ, ಬೂಸ್ಟು, ಯೀಸ್ಟ್ ಎಲ್ಲವೂ ಕೋಶಗಳೇ. ಗಟ್ಟಿ ಉಪ್ಪುನೀರಿಗೆ ಬಿದ್ದರೆ ಅವುಗಳ ನೀರೂ ಹೊರಗೆ ಹೋಗುತ್ತದೆ. ಬೆಳೆಯಬೇಕಾದರೆ ಕೋಶ ಒಳಗಿನಿಂದ ಉಬ್ಬಿ ನಿಲ್ಲಬೇಕು. ಆ ಬಿಗಿಯೇ ಹೋದರೆ ಬೆಳವಣಿಗೆ ನಿಲ್ಲುತ್ತದೆ. ಸತ್ತೇಹೋಗುತ್ತವೆ ಎಂದಲ್ಲ, ಎಷ್ಟೋ ಸುಮ್ಮನೆ ಕಾಯುತ್ತಾ ಕೂರುತ್ತವೆ. ಆಹಾರ ಕೆಡಿಸುವ ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ನಮ್ಮ ಅಳತೆಯಲ್ಲಿ 91ಕ್ಕಿಂತ ಮೇಲಿನ ನೀರು ಬೇಕು. ಬೂಸ್ಟುಗಳು ಹೆಚ್ಚು ಗಟ್ಟಿ, ಸಾಮಾನ್ಯವಾಗಿ ಸುಮಾರು 80ರವರೆಗೂ ಬದುಕು ಸಾಗಿಸುತ್ತವೆ. ಅದಕ್ಕೂ ಕೆಳಗೆ ಬೆಳೆಯುವ ಕೆಲವು ಹಟಮಾರಿಗಳೂ ಇವೆ.

ಈಗ ಲೆಕ್ಕ ಹಾಕೋಣ. ಒಂದು ಕಿಲೋ ಮಿಡಿಗೆ ಕಾಲು ಕಿಲೋ ಉಪ್ಪು ಹಾಕಿದಿರಿ. ಮಿಡಿಯಲ್ಲಿ 850 ಗ್ರಾಂ ನೀರಿದೆ. ಉಪ್ಪು ಒಳಗೂ ಹೊರಗೂ ಸಮನಾಗಿ ಹರಡಿಕೊಂಡ ಮೇಲೆ 850 ಗ್ರಾಂ ನೀರಿಗೆ 250 ಗ್ರಾಂ ಉಪ್ಪು, ಅಂದರೆ ನೂರು ಗ್ರಾಂ ಉಪ್ಪುನೀರಿನಲ್ಲಿ ಉಪ್ಪು ಸುಮಾರು 23 ಗ್ರಾಂ. ಅದರ ಅಂಕಿ 81. ಬ್ಯಾಕ್ಟೀರಿಯಾಗಳ ಗೆರೆಗಿಂತ ಎಷ್ಟೋ ಕೆಳಗೆ, ಬೂಸ್ಟಿನ ಗೆರೆಯ ಪಕ್ಕದಲ್ಲೇ. ಬಿಪಿ ಇದೆ ಎಂದು ಉಪ್ಪನ್ನು 100 ಗ್ರಾಂಗೆ ಇಳಿಸಿದರೆ? ನೂರಕ್ಕೆ ಹತ್ತೂವರೆ, ಅಂಕಿ 93. ಎಲ್ಲ ಗೆರೆಗಳೂ ಕೆಳಗೆ ಉಳಿದವು.

ಆದರೂ ಆ ಮಿಡಿ ತಕ್ಷಣ ಕೊಳೆಯುವುದಿಲ್ಲ, ಯಾಕೆಂದರೆ ಹುಳಿ ಇದೆ. ಅಪ್ಪೆಮಿಡಿಯ ಹುಳಿಯಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾ ಬೆಳೆಯಲಾರವು. ರುಬ್ಬಿ ಹಾಕುವ ಸಾಸಿವೆಯ ಘಾಟೂ ಸ್ವಲ್ಪ ಕಾವಲು ಕಾಯುತ್ತದೆ. ಆದರೆ ಯೀಸ್ಟ್, ಬೂಸ್ಟುಗಳಿಗೆ ಹುಳಿಯ ಭಯವಿಲ್ಲ. ಹಾಗಾಗಿ ಉಪ್ಪು ಕಡಿಮೆಯಾದ ಉಪ್ಪಿನಕಾಯಿ ಕೆಡುವುದು ಸಾಮಾನ್ಯವಾಗಿ ಮೇಲಿನಿಂದ, ಗಾಳಿ ತಾಗುವ ಕಡೆಯಿಂದ. ಮೊದಲು ತೆಳ್ಳಗೆ ಬೆಳ್ಳನೆಯ ಕೆನೆ ಕಟ್ಟುತ್ತದೆ, ಆಮೇಲೆ ಬೂಸ್ಟು. ಮಿಡಿಯ ಮೇಲೆ ಕಲ್ಲು ಹೇರಿ ಉಪ್ಪುನೀರಿನಲ್ಲಿ ಮುಳುಗಿಸಿಡುವುದು ಇದಕ್ಕೇ. ಉಪ್ಪು ಕಡಿಮೆ ಮಾಡಲೇಬೇಕೆಂದಿದ್ದರೆ ಮಾಡಿ, ಆದರೆ ಭರಣಿಯನ್ನು ಮರೆತು ಫ್ರಿಜ್ಜಿನಲ್ಲಿಡಿ.

ಒದ್ದೆ ಚಮಚ ಹಾಕಬೇಡಿ ಎಂದು ಬೈಯುತ್ತಾರಲ್ಲ, ಅದರ ಹಿಂದೆಯೂ ಲೆಕ್ಕವಿದೆ. ಒಂದೆರಡು ಹನಿ ನೀರು ಇಡೀ ಭರಣಿಯ ಉಪ್ಪನ್ನು ತೆಳು ಮಾಡಲಾರದು. ಆದರೆ ಗಟ್ಟಿ ಉಪ್ಪುನೀರು ಸಿಹಿನೀರಿಗಿಂತ ಭಾರ. ಚಮಚದ ನೀರು ಕೂಡಲೇ ಬೆರೆಯದೆ ಮೇಲೆಯೇ ತೆಳ್ಳಗೆ ಹರಡಿ ನಿಲ್ಲುತ್ತದೆ. ಕೆಳಗೆಲ್ಲ 81 ಇರುವಾಗ ಆ ಪದರದಲ್ಲಿ ಮಾತ್ರ 95. ಅದೂ ಗಾಳಿಗೆ ತಾಗಿಕೊಂಡೇ. ಕಾಯುತ್ತಾ ಕೂತಿದ್ದ ಬೂಸ್ಟಿಗೆ ಇನ್ನೇನು ಬೇಕು?

ಚಮಚ ಒಣಗಿಸಿಟ್ಟರೂ ಮಳೆಗಾಲ ಬಿಡುವುದಿಲ್ಲ. ನಮ್ಮ ಅಂಕಿಗೂ ಗಾಳಿಯ ತೇವಾಂಶಕ್ಕೂ ನೇರ ಸಂಬಂಧವಿದೆ. ಹವಾಮಾನದವರು ತೇವಾಂಶ ನೂರಕ್ಕೆ 90 ಎಂದರೆ, ಆ ಗಾಳಿಯಲ್ಲಿರುವ ನೀರಿನ ಅಂಕಿಯೂ 90. ಗಾಳಿಯಲ್ಲಿ ತೇವ 75 ದಾಟಿದರೆ ಉಪ್ಪು ತಾನಾಗಿ ನೀರು ಹೀರಿ ಕರಗುತ್ತದೆ. ಜೂನ್ ಬಂತೆಂದರೆ ಉಪ್ಪಿನ ಡಬ್ಬಿ ಜಿನುಗುವುದು ಇದರಿಂದಲೇ. ಸಾಣಿಕಟ್ಟೆಯ ಉಪ್ಪಿನ ಆಗರಗಳಲ್ಲಿ ಬೇಸಿಗೆಯಲ್ಲೇ ಉಪ್ಪು ತೆಗೆಯಬೇಕಾಗಿರುವುದಕ್ಕೆ ಮಳೆ ಮಾತ್ರ ಕಾರಣವಲ್ಲ, ಒದ್ದೆ ಗಾಳಿಯೂ ಕಾರಣ. ಮುಚ್ಚಳ ಸಡಿಲವಿದ್ದರೆ 81ರ ಉಪ್ಪುನೀರು 90ರ ಗಾಳಿಯಿಂದ ನೀರು ಕುಡಿಯುತ್ತದೆ, ಯಾರೂ ಸುರಿಯದೆಯೇ. ಬಾಯಿಗೆ ಬಟ್ಟೆ ಬಿಗಿದು ಕಟ್ಟಿದರೆ ಇದು ನಿಧಾನವಾಗುತ್ತದೆ, ಗಾಳಿಯಾಡದ ಮುಚ್ಚಳ ಹಾಕಿದರೆ ನಿಲ್ಲುತ್ತದೆ. ಚೈತ್ರದ ಬಿಸಿಲಲ್ಲಿ ಹಾಗಲ್ಲ. ಆಗ ಭರಣಿಯ ಅಂಚಿನಲ್ಲಿ ಉಪ್ಪು ಬೆಳ್ಳಗೆ ಹರಳುಗಟ್ಟಿರುತ್ತದೆ, ಅಲ್ವಾ? ಗಾಳಿಯ ಅಂಕಿ ಕೆಳಗಿಳಿದು ನೀರು ಹೊರಗೆ ಹೋಗುತ್ತಿದೆ.

ಇದೇ ಅಳತೆಗೋಲಿನಲ್ಲಿ ಒಣದ್ರಾಕ್ಷಿ ಎಲ್ಲಿದೆ? ಸುಮಾರು 60ರಲ್ಲಿ. ಅದರಲ್ಲಿ ನೀರು ಹೆಚ್ಚೆಂದರೆ ಐದನೇ ಒಂದು ಪಾಲು, ಉಳಿದದ್ದು ಹೆಚ್ಚುಕಮ್ಮಿ ಸಕ್ಕರೆಯೇ. ನೀರಿಗೆ ಹಾಕಿದರೆ 100ರಿಂದ 60ರ ಕಡೆ ನೀರು ನುಗ್ಗುತ್ತದೆ, ದ್ರಾಕ್ಷಿ ಉಬ್ಬುತ್ತದೆ. ಹಾಲಿನ ಅಂಕಿ 99ರ ಮೇಲೆ, ಹಾಗಾಗಿ ಪಾಯಸದ ಹಾಲಿನಲ್ಲೂ ಉಬ್ಬುತ್ತದೆ. ಇನ್ನೂ ವಿಚಿತ್ರವಾದದ್ದು, ಅಂಕಿ 75 ಇರುವ ಗಟ್ಟಿ ಉಪ್ಪುನೀರಿಗಿಂತಲೂ ಒಣದ್ರಾಕ್ಷಿಯ ಬಾಯಾರಿಕೆ ಹೆಚ್ಚು. ಮಿಡಿಯ ನೀರನ್ನು ಹಿಂಡಿ ತೆಗೆದ ಆ ಉಪ್ಪುನೀರಿನಿಂದಲೂ ಅದು ನೀರು ಎಳೆದುಕೊಳ್ಳಬಲ್ಲದು. ಕಾರವಾರದ ಮಳೆಗಾಲದಲ್ಲಿ ತೆರೆದಿಟ್ಟ ದ್ರಾಕ್ಷಿ ಅಂಟಂಟಾಗುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಇಲ್ಲೊಂದು ತಕರಾರಿದೆ. ಒಣಗಿದ ದ್ರಾಕ್ಷಿಯ ಕೋಶಗಳು ಎಂದೋ ಸತ್ತಿರುತ್ತವೆ, ಪೊರೆಗಳು ಹರಿದಿರುತ್ತವೆ. ಹಾಗಾಗಿ ಪಾಠದ ಪುಸ್ತಕದ ಅಚ್ಚುಕಟ್ಟಾದ ಅಭಿಸರಣೆ ಇಲ್ಲಿ ನಡೆಯುವುದಿಲ್ಲ. ಸಿಪ್ಪೆ ಅರೆಬರೆ ಕಾವಲು ಕಾಯುತ್ತದೆ. ನೀರು ಬೇಗ ಒಳಗೆ ಹೋಗುತ್ತದೆ, ಸಕ್ಕರೆ ನಿಧಾನವಾಗಿ ಹೊರಗೆ ಸೋರುತ್ತದೆ. ರಾತ್ರಿ ನೆನೆಸಿಟ್ಟ ನೀರನ್ನು ಬೆಳಿಗ್ಗೆ ಬಾಯಿಗೆ ಹಾಕಿದರೆ ಸಿಹಿ ಸಿಗುವುದು ಅದಕ್ಕೇ. ಪೊರೆ ಗಟ್ಟಿಯಾಗಿದ್ದರೆ ಒಂದು ಚೂರೂ ಸಿಹಿ ಬರುತ್ತಿರಲಿಲ್ಲ. ಬಿಸಿನೀರಿನಲ್ಲಿ ಬೇಗ ಉಬ್ಬುತ್ತದೆ, ಜೊತೆಗೆ ಸಿಹಿಯೂ ಬೇಗ ಸೋರುತ್ತದೆ. ತುಪ್ಪದಲ್ಲಿ ಹುರಿಯುವಾಗ ಗುಂಡಗೆ ಉಬ್ಬುತ್ತದಲ್ಲ, ಅದಕ್ಕೂ ಅಭಿಸರಣೆಗೂ ಸಂಬಂಧವಿಲ್ಲ. ತುಪ್ಪದಲ್ಲಿ ನೀರೇ ಇಲ್ಲ. ದ್ರಾಕ್ಷಿಯೊಳಗಿನ ಅಲ್ಪಸ್ವಲ್ಪ ನೀರು ಆವಿಯಾಗಿ ಸಿಪ್ಪೆಯನ್ನು ಹಿಗ್ಗಿಸುತ್ತದೆ. ಆರಿದ ಮೇಲೆ ಮತ್ತೆ ಸುಕ್ಕಾಗುತ್ತದೆ.

ದ್ರಾಕ್ಷಿ ಕೆಡದೆ ಉಳಿಯುವುದೂ ಮಿಡಿಯ ರೀತಿಯಲ್ಲೇ, ಉಪ್ಪಿನ ಬದಲು ಸಕ್ಕರೆ ಅಷ್ಟೇ. ಆದರೆ ಸಕ್ಕರೆ ಅಷ್ಟೊಂದು ಬೇಕು, ಉಪ್ಪು ಇಷ್ಟೇ ಸಾಕು, ಯಾಕೆ? ನೀರನ್ನು ಕಟ್ಟಿಹಾಕುವುದರಲ್ಲಿ ಕಣಗಳ ಜಾತಿಗಿಂತ ಅವುಗಳ ಸಂಖ್ಯೆ ಮುಖ್ಯ. 1880ರ ದಶಕದಲ್ಲಿ ಇದನ್ನು ಲೆಕ್ಕಕ್ಕೆ ತಂದವರು ಡಚ್ ವಿಜ್ಞಾನಿ ವ್ಯಾಂಟ್ ಹಾಫ್. ರಸಾಯನ ವಿಜ್ಞಾನದ ಮೊಟ್ಟಮೊದಲ ನೊಬೆಲ್ ಬಹುಮಾನ 1901ರಲ್ಲಿ ಅವರಿಗೇ ಸಿಕ್ಕಿತು. ಅಡುಗೆ ಸಕ್ಕರೆಯ ಒಂದು ಕಣ ಉಪ್ಪಿನದಕ್ಕಿಂತ ಸುಮಾರು ಆರು ಪಟ್ಟು ಭಾರ. ಸಾಲದ್ದಕ್ಕೆ ನೀರಿಗೆ ಬಿದ್ದ ಉಪ್ಪು ಸೋಡಿಯಂ, ಕ್ಲೋರೈಡ್ ಎಂದು ಎರಡಾಗಿ ಒಡೆಯುತ್ತದೆ, ಸಕ್ಕರೆ ಇಡಿಯಾಗಿಯೇ ಇರುತ್ತದೆ. ಆದ್ದರಿಂದ ಒಂದು ಗ್ರಾಂ ಉಪ್ಪಿನಲ್ಲಿ ಸಿಗುವಷ್ಟು ಕಣಗಳು ಬೇಕೆಂದರೆ ಹನ್ನೊಂದು ಹನ್ನೆರಡು ಗ್ರಾಂ ಸಕ್ಕರೆ ಹಾಕಬೇಕು. ದ್ರಾಕ್ಷಿಯಲ್ಲಿರುವ ಗ್ಲೂಕೋಸ್, ಫ್ರಕ್ಟೋಸ್‌ಗಳ ಕಣ ಇದರ ಅರ್ಧದಷ್ಟೇ ಭಾರ, ಹಾಗಾಗಿ ಅಲ್ಲಿ ಆರು ಗ್ರಾಂ ಸಾಕು. ಮಾವಿನ ಹಣ್ಣಿನ ಜಾಮ್ ಮಾಡುವವರು ಸಕ್ಕರೆ ಕಡಿಮೆ ಹಾಕಿ ಬೂಸ್ಟು ಬರಿಸಿಕೊಳ್ಳುವುದು ಈ ಲೆಕ್ಕ ತಪ್ಪಿಯೇ. ಉಪ್ಪಿನಕಾಯಿಗೆ ಸಾಲುವ ಕಾಲು ಕಿಲೋ ಜಾಮಿಗೆ ಏನೇನೂ ಸಾಲದು.