ಮೊದಲ ಮುಟ್ಟಿನಿಂದಲೂ ಅತಿಯಾದ ರಕ್ತಸ್ರಾವ, ಮೈಮೇಲೆ ನೀಲಿ ಕಲೆ: ರಿಪೋರ್ಟ್ ನಾರ್ಮಲ್ ಬಂದರೂ ಕಾಯಿಲೆ ಇರಬಹುದೇ?

ಪ್ರಶ್ನೆ: ನನಗೆ 19 ವರ್ಷ. 12ನೇ ವಯಸ್ಸಿನಲ್ಲಿ ಮೈನೆರೆದಾಗಿನಿಂದಲೂ ಮುಟ್ಟು ತುಂಬಾ ಜಾಸ್ತಿ. ಎಂಟು ಒಂಬತ್ತು ದಿನ ಇರುತ್ತದೆ. ಮೊದಲ ಮೂರು ದಿನ ಒಂದೂವರೆ ಗಂಟೆಗೊಮ್ಮೆ ಪ್ಯಾಡ್ ಬದಲಾಯಿಸಬೇಕು, ರಾತ್ರಿ ಹಾಸಿಗೆಗೂ ಕಲೆಯಾಗುತ್ತದೆ. ತೊಡೆ, ತೋಳು, ಬೆನ್ನಿನ ಮೇಲೆ ಆಗಾಗ ನೀಲಿ ಕಲೆ ಏಳುತ್ತದೆ, ಎಲ್ಲಿ ತಾಗಿತೆಂದೇ ಗೊತ್ತಿರುವುದಿಲ್ಲ. ಹಿಮೋಗ್ಲೋಬಿನ್ 9.4 ಇದೆ. ಸ್ಕ್ಯಾನಿಂಗ್, ಪ್ಲೇಟ್‌ಲೆಟ್, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಎಲ್ಲವೂ ನಾರ್ಮಲ್. ಅಮ್ಮನಿಗೂ ಹೀಗೇ ಇತ್ತಂತೆ. "ನಮ್ಮ ಮನೆಯ ಹೆಂಗಸರಿಗೆಲ್ಲ ಹೀಗೇ" ಅನ್ನುತ್ತಾರೆ. ರಿಪೋರ್ಟ್ ನಾರ್ಮಲ್ ಇದ್ದಮೇಲೂ ರಕ್ತಸ್ರಾವದ ಕಾಯಿಲೆ ಇರಬಹುದಾ?

ಉತ್ತರ: ಖಂಡಿತ ಇರಬಹುದು. ನಿಮ್ಮ ಪತ್ರ ಓದಿದರೆ ಮೊದಲು ನೆನಪಾಗುವುದು ವಾನ್ ವಿಲ್ಲಿಬ್ರಾಂಡ್ ಕಾಯಿಲೆ. ಹುಟ್ಟಿನಿಂದ ಬರುವ ರಕ್ತಸ್ರಾವದ ಕಾಯಿಲೆಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಇದೇ. ನಿಮಗೆ ಮಾಡಿಸಿದ ಮಾಮೂಲಿ ಪರೀಕ್ಷೆಗಳು ಇದನ್ನು ಬಹಳ ಸಲ ಹಿಡಿಯುವುದೇ ಇಲ್ಲ. ನಿಮಗೆ ಅದೇ ಕಾಯಿಲೆ ಇದೆ ಎಂದು ಪತ್ರ ನೋಡಿ ಹೇಳಲಾಗದು. ಆದರೆ ಹುಡುಕಾಟ ಇಲ್ಲಿಗೇ ನಿಲ್ಲಬಾರದು.

ಪತ್ರದಲ್ಲಿ ಮೂರು ಸುಳಿವುಗಳಿವೆ. ಒಂದು, ತೊಂದರೆ ಮೊದಲ ಮುಟ್ಟಿನಿಂದಲೇ ಇದೆ. ಗರ್ಭಕೋಶದ ಗಡ್ಡೆಯಂಥ ಕಾರಣಗಳು ಸಾಮಾನ್ಯವಾಗಿ ಆಮೇಲೆ, ವಯಸ್ಸಾದಂತೆ ಬರುತ್ತವೆ. ಮೈನೆರೆದ ಮೊದಲ ಎರಡು ಮೂರು ವರ್ಷ ಅಂಡಾಣು ಸರಿಯಾಗಿ ಬಿಡುಗಡೆಯಾಗದೆ ಮುಟ್ಟು ಏರುಪೇರಾಗುವುದುಂಟು. ಅದರಲ್ಲಿ ತಿಂಗಳು ತಪ್ಪುತ್ತದೆ, ಎರಡು ತಿಂಗಳಿಗೊಮ್ಮೆ ಬಂದು ಸುರಿಯುತ್ತದೆ. ನಿಮ್ಮದು ಏಳು ವರ್ಷವಾದರೂ ಹಾಗೇ ಇದೆ. ತಿಂಗಳು ತಿಂಗಳು ಸರಿಯಾಗಿ ಬರುತ್ತಿದ್ದೂ ಪ್ರತಿಸಲ ಹೀಗೆ ಹರಿಯುವುದಾದರೆ ಅನುಮಾನ ರಕ್ತದ ಕಡೆಗೇ ಜಾಸ್ತಿ ಹೋಗಬೇಕು.

ಎರಡನೆಯದು ನೀಲಿ ಕಲೆ. ಮೊಣಕಾಲಿನ ಕೆಳಗೆ ಚಿಕ್ಕಪುಟ್ಟ ಕಲೆ ಯಾರಿಗಾದರೂ ಆಗುತ್ತದೆ. ಬೆನ್ನು, ಹೊಟ್ಟೆ, ತೊಡೆಯಂಥ ಕಡೆ ಏಳುವುದು, 5 ಸೆಂಟಿಮೀಟರ್‌ಗಿಂತ ದೊಡ್ಡದಾಗಿರುವುದು, ತಿಂಗಳಿಗೆ ಒಂದೆರಡು ಸಲವಾದರೂ ಕಾಣಿಸುವುದು, ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಮೂರನೆಯದು ನಿಮ್ಮ ಅಮ್ಮ ಹೇಳಿದ ಮಾತು. ಈ ಕಾಯಿಲೆ ತಡವಾಗಿ ಗೊತ್ತಾಗುವುದಕ್ಕೆ ದೊಡ್ಡ ಕಾರಣ ಇದೇ ಅಂತ ನನಗನ್ನಿಸುತ್ತದೆ. ಅಜ್ಜಿಗೆ, ಅಮ್ಮನಿಗೆ, ದೊಡ್ಡಮ್ಮನಿಗೆ ಎಲ್ಲರಿಗೂ ಹಾಗೇ ಹರಿದಿದ್ದರೆ ಮನೆಯಲ್ಲಿ ಅದೇ ಸರಿಯಾದ ಮುಟ್ಟು ಅನ್ನಿಸಿಕೊಳ್ಳುತ್ತದೆ. ಹೋಲಿಸಿ ನೋಡಲು ಬೇರೆಯವರ ಅನುಭವ ಯಾರಿಗೂ ಗೊತ್ತಿರುವುದಿಲ್ಲ, ಯಾರೂ ಇದನ್ನು ಬಾಯಿಬಿಟ್ಟು ಮಾತಾಡುವುದಿಲ್ಲ ಅಲ್ವಾ? "ನಮ್ಮ ಮನೆಯವರಿಗೆಲ್ಲ ಹೀಗೇ" ಅನ್ನುವುದನ್ನು ವೈದ್ಯರು ವಂಶದ ಸುಳಿವು ಎಂದೇ ಕೇಳಿಸಿಕೊಳ್ಳಬೇಕು.

ಈಗ ಮೂಲ ವಿಷಯಕ್ಕೆ ಬರೋಣ. ರಕ್ತನಾಳ ಹರಿದಾಗ ಮೊದಲು ಓಡಿಬರುವವು ಪ್ಲೇಟ್‌ಲೆಟ್‌ಗಳು. ಹರಿಯುವ ರಕ್ತದ ರಭಸದಲ್ಲಿ ಅವು ಹರಿದ ಜಾಗಕ್ಕೆ ತಾವಾಗಿ ಅಂಟಿಕೊಳ್ಳಲಾರವು. ಅವನ್ನು ಅಲ್ಲಿ ಹಿಡಿದು ನಿಲ್ಲಿಸುವ ಅಂಟಿನಂಥ ಪ್ರೋಟೀನ್ ವಾನ್ ವಿಲ್ಲಿಬ್ರಾಂಡ್ ಫ್ಯಾಕ್ಟರ್. ಅದು ಕಡಿಮೆಯಿದ್ದರೆ ಅಥವಾ ಇದ್ದೂ ಸರಿಯಾಗಿ ಕೆಲಸ ಮಾಡದಿದ್ದರೆ ಚರ್ಮ, ಮೂಗು, ಒಸಡು, ಗರ್ಭಕೋಶದ ಒಳಪದರದಂಥ ಕಡೆ ರಕ್ತ ನಿಲ್ಲಲು ತಡವಾಗುತ್ತದೆ. ತಿಂಗಳು ತಿಂಗಳು ಒಳಪದರ ಕಳಚುವ ಗರ್ಭಕೋಶದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಗಂಡಸರಿಗೂ ಈ ಕಾಯಿಲೆ ಅಷ್ಟೇ ಬರುತ್ತದೆ. ಆದರೆ ತೊಂದರೆ ಹೆಚ್ಚಾಗಿ ತೋರುವುದು ಹೆಂಗಸರಲ್ಲಿ.

ಫಿನ್‌ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲಿಬ್ರಾಂಡ್ 1926ರಲ್ಲಿ ಇದನ್ನು ಮೊದಲು ವಿವರಿಸಿದರು. ಓಲಂಡ್ ದ್ವೀಪಗಳ ಒಂದು ಕುಟುಂಬದ ಐದು ವರ್ಷದ ಹುಡುಗಿಯಿಂದ ಅವರ ಅಧ್ಯಯನ ಶುರುವಾಯಿತು. ಆ ಹುಡುಗಿ 13ನೇ ವಯಸ್ಸಿನಲ್ಲಿ, ತನ್ನ ನಾಲ್ಕನೇ ಮುಟ್ಟಿನಲ್ಲಿ, ರಕ್ತಸ್ರಾವದಿಂದಲೇ ತೀರಿಕೊಂಡಳು. ಅವಳದು ತೀರಾ ತೀವ್ರವಾದ ಬಗೆ, ಅದು ಅಪರೂಪ. ಹೆಚ್ಚಿನವರಲ್ಲಿ ಇದು ಸೌಮ್ಯವಾಗಿರುತ್ತದೆ. ಸೌಮ್ಯವಾಗಿರುವುದರಿಂದಲೇ ತಪ್ಪಿಸಿಕೊಳ್ಳುತ್ತದೆ.

ಹಾಗಾದರೆ ನಿಮ್ಮ ರಿಪೋರ್ಟ್ ಯಾಕೆ ನಾರ್ಮಲ್? ಪ್ಲೇಟ್‌ಲೆಟ್ ಎಣಿಕೆ ಅವು ಎಷ್ಟಿವೆ ಎಂದಷ್ಟೇ ಹೇಳುತ್ತದೆ, ಅಂಟಿಕೊಳ್ಳುತ್ತವೆಯೇ ಎಂದು ಹೇಳುವುದಿಲ್ಲ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಪರೀಕ್ಷೆಗಳಲ್ಲಿ 'ಪಿಟಿ'ಗೂ ಈ ಪ್ರೋಟೀನಿಗೂ ಸಂಬಂಧವೇ ಇಲ್ಲ. 'ಎಪಿಟಿಟಿ' ಮಾತ್ರ ಸುತ್ತುಬಳಸಿ ಸ್ವಲ್ಪ ತಿಳಿಸಬಲ್ಲದು. ವಾನ್ ವಿಲ್ಲಿಬ್ರಾಂಡ್ ಫ್ಯಾಕ್ಟರ್ ತನ್ನ ಜೊತೆ ಫ್ಯಾಕ್ಟರ್ 8 ಎಂಬ ಇನ್ನೊಂದು ಪ್ರೋಟೀನನ್ನು ಹೊತ್ತು ಕಾಪಾಡುತ್ತದೆ. ಕೊರತೆ ಜೋರಾಗಿದ್ದರೆ ಫ್ಯಾಕ್ಟರ್ 8 ಕೂಡ ಇಳಿದು ಎಪಿಟಿಟಿ ಉದ್ದವಾಗುತ್ತದೆ. ಸೌಮ್ಯ ಕೊರತೆಯಲ್ಲಿ ಅದು ಅಷ್ಟು ಇಳಿಯುವುದಿಲ್ಲ, ಎಪಿಟಿಟಿ ನಾರ್ಮಲ್ ಆಗಿಯೇ ಬರುತ್ತದೆ.

ನೀವು ಕೇಳಿ ಮಾಡಿಸಿಕೊಳ್ಳಬೇಕಾದದ್ದು ಮೂರು ಪರೀಕ್ಷೆ, ಒಂದೇ ಸಲದ ರಕ್ತದಲ್ಲಿ: ವಾನ್ ವಿಲ್ಲಿಬ್ರಾಂಡ್ ಆಂಟಿಜೆನ್ (ಎಷ್ಟಿದೆ), ವಾನ್ ವಿಲ್ಲಿಬ್ರಾಂಡ್ ಆಕ್ಟಿವಿಟಿ (ಎಷ್ಟು ಕೆಲಸ ಮಾಡುತ್ತದೆ), ಮತ್ತು ಫ್ಯಾಕ್ಟರ್ 8. ಜೊತೆಗೆ ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಎಂದು ತೋರಿಸುವ ಫೆರಿಟಿನ್. ಸ್ತ್ರೀರೋಗ ತಜ್ಞರು ಬರೆದುಕೊಡಬಹುದು, ಆದರೆ ಫಲಿತಾಂಶವನ್ನು ಹೆಮಟಾಲಜಿಸ್ಟ್, ಅಂದರೆ ರಕ್ತರೋಗ ತಜ್ಞರು ನೋಡುವುದು ಒಳ್ಳೆಯದು.

ಇಲ್ಲೂ ಒಂದು ತೊಡಕಿದೆ. ಈ ಪ್ರೋಟೀನಿನ ಮಟ್ಟ ಒಂದೇ ಕಡೆ ನಿಲ್ಲುವುದಿಲ್ಲ. ಜ್ವರ, ಸೋಂಕು, ಓಡಾಟದ ದಣಿವು, ಸೂಜಿಯ ಭಯ, ಬಸಿರು, ಈಸ್ಟ್ರೋಜನ್ ಇರುವ ಮಾತ್ರೆ ಇವೆಲ್ಲ ಅದನ್ನು ಏರಿಸುತ್ತವೆ. ಮುಟ್ಟಿನ ಮೊದಲ ದಿನಗಳಲ್ಲಿ ಅದು ಕೆಳಗಿರುತ್ತದೆ. 'ಒ' ಗುಂಪಿನ ರಕ್ತದವರಲ್ಲಿ ಹುಟ್ಟಿನಿಂದಲೇ ಕಾಲುಭಾಗದಷ್ಟು ಕಡಿಮೆ.

ಉದಾಹರಣೆಗೆ, ನಿಮ್ಮಂಥದ್ದೇ ತೊಂದರೆಯ ಒಬ್ಬ ಹುಡುಗಿಗೆ ಜ್ವರ ಬಂದು ಎರಡು ದಿನವಾದಾಗ ಪರೀಕ್ಷೆ ಮಾಡಿದರು ಎಂದಿಟ್ಟುಕೊಳ್ಳಿ. ಆಂಟಿಜೆನ್ 62, ಆಕ್ಟಿವಿಟಿ 58 ಬಂತು. ಸಾಮಾನ್ಯವಾಗಿ 50ರ ಮೇಲಿದ್ದರೆ ನಾರ್ಮಲ್ ಎಂದು ಲ್ಯಾಬ್ ಬರೆಯುತ್ತದೆ, ಕಡತ ಮುಚ್ಚುತ್ತದೆ. ಅವಳ ವೈದ್ಯರು ಮುಚ್ಚಲಿಲ್ಲ. ಆರು ವಾರ ಬಿಟ್ಟು, ಹುಷಾರಾಗಿದ್ದಾಗ, ಮುಟ್ಟಿನ ಎರಡನೇ ದಿನ, ಅರ್ಧ ಗಂಟೆ ಸುಮ್ನೆ ಕೂರಿಸಿ ಮತ್ತೆ ರಕ್ತ ತೆಗೆಸಿದರು. ಈ ಸಲ 41 ಮತ್ತು 37. ಈಗ ಚಿತ್ರ ಬದಲಾಯಿತು. 30ಕ್ಕಿಂತ ಕೆಳಗಿದ್ದರೆ ಬೇರೆ ಲಕ್ಷಣ ಇರಲಿ ಬಿಡಲಿ ಕಾಯಿಲೆ ಎನ್ನುತ್ತಾರೆ. 30ರಿಂದ 50ರ ನಡುವೆ ಬಂದರೆ, ನಿಜವಾದ ರಕ್ತಸ್ರಾವದ ತೊಂದರೆಯೂ ಇದ್ದಾಗ ಕಾಯಿಲೆ ಎಂದು ಒಪ್ಪುತ್ತಾರೆ. 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೀಗೇ ಹೇಳುತ್ತದೆ. 'ಒ' ಗುಂಪು ಎಂಬ ಕಾರಣಕ್ಕೆ ಕಡಿಮೆ ಸಂಖ್ಯೆಯನ್ನು ತಳ್ಳಿಹಾಕಬಾರದು.

ರಕ್ತದ ಮಾದರಿಯೂ ಕೈಕೊಡಬಹುದು. ಲ್ಯಾಬಿಗೆ ಕಳಿಸುವಾಗ ಅದನ್ನು ಐಸ್‌ನಲ್ಲಿಟ್ಟರೆ ಮಟ್ಟ ಸುಳ್ಳಾಗಿ ಇಳಿದು ತೋರಬಹುದು. ಹಾಗಾಗಿ ಕಡಿಮೆ ಬಂದರೂ ಇನ್ನೊಮ್ಮೆ ನೋಡುವುದು ವಾಡಿಕೆ. ಆದಷ್ಟು ಪರೀಕ್ಷೆ ನಡೆಯುವ ಲ್ಯಾಬಿಗೇ ಹೋಗಿ ರಕ್ತ ಕೊಡಿ.

ಎರಡು ಸಲವೂ ಚೆನ್ನಾಗಿಯೇ ಬಂದರೆ? ಆಗ ಪ್ಲೇಟ್‌ಲೆಟ್ ಕೆಲಸ ಮಾಡುವ ಬಗೆಯನ್ನು ನೋಡುವ ಅಗ್ರಿಗೇಷನ್ ಪರೀಕ್ಷೆ, ಫ್ಯಾಕ್ಟರ್ 11, ಫ್ಯಾಕ್ಟರ್ 13 ಮುಂತಾದವು ಉಳಿದಿರುತ್ತವೆ. ಅಗ್ರಿಗೇಷನ್‌ಗೆ ಮುಂಚೆ ಒಂದು ವಾರದಿಂದ ಹತ್ತು ದಿನ ಆಸ್ಪಿರಿನ್, ಐಬುಪ್ರೊಫೆನ್‌ನಂಥ ಮಾತ್ರೆ ತಗೊಂಡಿರಬಾರದು. ಎಲ್ಲ ನೋಡಿದ ಮೇಲೂ ಕೆಲವರಿಗೆ ಹೆಸರು ಸಿಗುವುದಿಲ್ಲ. ಹೆಸರಿಲ್ಲ ಎಂದು ಚಿಕಿತ್ಸೆ ನಿಲ್ಲುವುದಿಲ್ಲ.

ಚಿಕಿತ್ಸೆಗೆ ಪೂರ್ತಿ ಉತ್ತರ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ ಕಟ್ಟಿಕೊಂಡ ಹೆಪ್ಪು ಬೇಗ ಕರಗದಂತೆ ತಡೆಯುತ್ತದೆ. ಸಾಮಾನ್ಯವಾಗಿ ದಿನಕ್ಕೆ ಮೂರು ಸಲ 1 ಗ್ರಾಂ, ಜಾಸ್ತಿ ಹರಿಯುವ ದಿನಗಳಲ್ಲಿ ಮಾತ್ರ, ಹೆಚ್ಚೆಂದರೆ ಐದು ದಿನ. ಹಿಂದೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ ಆಗದು, ಈಸ್ಟ್ರೋಜನ್ ಮಾತ್ರೆಯ ಜೊತೆ ಬೇಕೆಂದರೂ ವೈದ್ಯರೇ ತೀರ್ಮಾನಿಸಬೇಕು. ಹಾರ್ಮೋನ್ ಮಾತ್ರೆ ಅಥವಾ ಗರ್ಭಕೋಶದಲ್ಲಿ ಇಡುವ ಹಾರ್ಮೋನ್ ಸಾಧನ ಕೂಡ ಹರಿವನ್ನು ತುಂಬ ಇಳಿಸುತ್ತವೆ. ಕೆಲವರಿಗೆ ಡೆಸ್ಮೊಪ್ರೆಸಿನ್ ಎಂಬ ಔಷಧ ಕೊಟ್ಟರೆ ದೇಹ ತನ್ನಲ್ಲಿ ಕೂಡಿಟ್ಟ ವಾನ್ ವಿಲ್ಲಿಬ್ರಾಂಡ್ ಫ್ಯಾಕ್ಟರನ್ನು ಹೊರಬಿಡುತ್ತದೆ. ಅದು ಎಲ್ಲರಿಗೂ ಹೊಂದದ ಕಾರಣ ಮೊದಲು ಒಂದು ಸಲ ಕೊಟ್ಟು ಮಟ್ಟ ಏರುತ್ತದೆಯೇ ಎಂದು ನೋಡುತ್ತಾರೆ. ತಗೊಂಡ ದಿನ ನೀರು ಕುಡಿಯುವುದನ್ನೂ ಮಿತಿಯಲ್ಲಿಡಬೇಕು, ಇಲ್ಲದಿದ್ದರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯಬಹುದು.

ಹೊಟ್ಟೆನೋವಿನ ಮಾತ್ರೆಯ ಬಗ್ಗೆ ಎಚ್ಚರ. ಮುಟ್ಟಿನ ನೋವಿಗೆ, ಜಾಸ್ತಿ ಹರಿವಿಗೆ ಮೆಫೆನಾಮಿಕ್ ಆ್ಯಸಿಡ್ ಬರೆದುಕೊಡುವ ರೂಢಿಯಿದೆ. ಬೇರೆಯವರಿಗೆ ಅದು ಒಳ್ಳೆಯದೇ. ರಕ್ತಸ್ರಾವದ ಕಾಯಿಲೆಯ ಅನುಮಾನವಿದ್ದವರಲ್ಲಿ ಅದು, ಐಬುಪ್ರೊಫೆನ್, ಆಸ್ಪಿರಿನ್ ಎಲ್ಲವೂ ಪ್ಲೇಟ್‌ಲೆಟ್‌ಗಳ ಕೈ ಕಟ್ಟಿಹಾಕುತ್ತವೆ. ನೋವಿಗೆ ಪ್ಯಾರಸಿಟಮಾಲ್ ಸಾಕು.

ನಿಮ್ಮ 9.4 ಹಿಮೋಗ್ಲೋಬಿನ್‌ಗೆ ಕಬ್ಬಿಣದ ಮಾತ್ರೆ ಬೇಕಾಗುತ್ತದೆ. ಹಿಮೋಗ್ಲೋಬಿನ್ 12 ದಾಟಿದ ಕೂಡಲೇ ನಿಲ್ಲಿಸಬೇಡಿ. ಕೂಡಿಟ್ಟ ಕಬ್ಬಿಣ, ಅಂದರೆ ಫೆರಿಟಿನ್, ತುಂಬಲು ಇನ್ನೂ ಕೆಲವು ತಿಂಗಳು ಹಿಡಿಯುತ್ತದೆ. ಈ ನಡುವೆ ಎರಡು ಮೂರು ಗಂಟೆ ಸತತವಾಗಿ ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆದರೆ, ಅಥವಾ ತಲೆಸುತ್ತಿ ಕಣ್ಣು ಕತ್ತಲೆ ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.

ವೈದ್ಯರ ಬಳಿ ಹೋಗುವ ಮುಂಚೆ ಅಮ್ಮನ ಹತ್ತಿರ ಕೂತು ಕೆಲವು ವಿಷಯ ಕೇಳಿಕೊಳ್ಳಿ. ಹಲ್ಲು ಕೀಳಿಸಿದಾಗ ರಕ್ತ ನಿಲ್ಲಲು ಎಷ್ಟು ಹೊತ್ತಾಯಿತು? ಮೂಗಿನ ರಕ್ತ ಹತ್ತು ನಿಮಿಷಕ್ಕಿಂತ ಜಾಸ್ತಿ ಸುರಿದದ್ದುಂಟಾ? ಹೆರಿಗೆಯಾಗಿ ವಾರ ಕಳೆದ ಮೇಲೆ ಮತ್ತೆ ಜೋರಾಗಿ ಹರಿಯಿತಾ? ಬಸಿರಿನಲ್ಲಿ ಏರಿದ ಮಟ್ಟ ಹೆರಿಗೆಯ ನಂತರ ಇಳಿಯುವುದರಿಂದ ಈ ಕಾಯಿಲೆಯಲ್ಲಿ ಬಾಣಂತನದ ರಕ್ತಸ್ರಾವ ತಡವಾಗಿಯೂ ಬರುತ್ತದೆ. ಹೆಚ್ಚಿನ ಬಗೆಗಳಲ್ಲಿ ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ ಇರುತ್ತದೆ. ನಿಮಗೆ ಕಾಯಿಲೆ ಖಚಿತವಾದರೆ ಅಮ್ಮನ ರಕ್ತವನ್ನೂ ಪರೀಕ್ಷಿಸಿ. ಇನ್ನೂ ಮೈನೆರೆಯದ ತಂಗಿ ಇದ್ದರೆ ಅವಳನ್ನು ಈಗಲೇ ಪರೀಕ್ಷೆ ಮಾಡಿಸಿ, ಮೊದಲ ಮುಟ್ಟಿಗೆ ಯಾವ ಮಾತ್ರೆ, ಎಷ್ಟು ಎಂದು ವೈದ್ಯರಿಂದ ಬರೆಸಿಟ್ಟುಕೊಳ್ಳಿ.