ಜ್ವರ, ಮಂಪರು, ಆಮೇಲೆ ಉಸಿರಾಟದ ತೊಂದರೆ

ಬೆಂಗಳೂರಿನ ನಮ್ಮ ಆಸ್ಪತ್ರೆಯ ತುರ್ತು ವಿಭಾಗದಲ್ಲಿ, ಬಾವಲಿಗಳಿಂದ ಬರುವ ನಿಫಾ ವೈರಸ್ ಸೋಂಕಿಗೆ ತಯಾರಾಗಿರಲು ಆಗಾಗ ಅಣಕು ಅಭ್ಯಾಸ ನಡೆಸುತ್ತೇವೆ. ಅದಕ್ಕಾಗಿ ಹೆಣೆದ ಒಂದು ಪ್ರಕರಣವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ರೋಗಿ ಕಲ್ಪಿತ, ಆದರೆ ನಾವು ಎಡವಿದ ಜಾಗಗಳು ನಿಜ.

ಮಳೆಗಾಲದ ರಾತ್ರಿ ಹತ್ತು ಗಂಟೆ. ಪಿಜಿಯ ಇಬ್ಬರು ಗೆಳೆಯರು 27ರ ಯುವಕನನ್ನು ಆಟೋದಲ್ಲಿ ಕರೆತರುತ್ತಾರೆ. ನಾಲ್ಕು ದಿನದಿಂದ ಜ್ವರ, ತಲೆನೋವು. ಬೆಳಗ್ಗೆಯಿಂದ ಮಾತು ತಡವರಿಸುತ್ತಿದೆ, ಸಂಜೆಯಿಂದ ಕೆಮ್ಮು, ಏದುಸಿರು. ಆಮ್ಲಜನಕ ಶೇ. 86, ಪ್ಲೇಟ್‌ಲೆಟ್ 90 ಸಾವಿರ. ಪ್ಲೇಟ್‌ಲೆಟ್ ನೋಡಿದ ಕೂಡಲೇ ಕಿರಿಯ ವೈದ್ಯರು "ಡೆಂಗಿ ಸರ್" ಅಂದರು. ಈ ಕಾಲದಲ್ಲಿ ಈ ಊರಿನಲ್ಲಿ ಯಾರಿಗಾದರೂ ಮೊದಲು ಹೊಳೆಯುವುದು ಅದೇ. ಆದರೆ ನಿಫಾದಲ್ಲೂ ಪ್ಲೇಟ್‌ಲೆಟ್ ಇಳಿಯಬಹುದು. ಮಿದುಳಿನ ಸಿಟಿ ಸ್ಕ್ಯಾನ್ ಸಾಮಾನ್ಯವಾಗಿದ್ದರೂ ನಿಶ್ಚಿಂತೆಯಿಂದ ಇರುವಂತಿಲ್ಲ. ಬೆನ್ನುಹುರಿಯ ನೀರು ಬೇರೆ ವೈರಸ್ ಮಿದುಳು ಜ್ವರಗಳಲ್ಲಿ ಕಾಣುವ ಹಾಗೆಯೇ ಕಾಣುತ್ತದೆ. ಈ ಯಾವ ಪರೀಕ್ಷೆಯೂ ಒಂದನ್ನು ಇನ್ನೊಂದರಿಂದ ಬೇರ್ಪಡಿಸಿಕೊಡುವುದಿಲ್ಲ.

ಹಾಸಿಗೆಯ ಪಕ್ಕ ನಿಂತು ನೋಡಿದರೆ ಕೆಲವು ಸುಳಿವು ಸಿಗುತ್ತವೆ. ಜ್ವರದ ಪ್ರಮಾಣಕ್ಕೆ ತಾಳೆಯಾಗದಷ್ಟು ಓಡುವ ನಾಡಿ, ಏರಿದ ರಕ್ತದೊತ್ತಡ. ಮೊಣಕಾಲಿಗೆ ಸುತ್ತಿಗೆ ತಟ್ಟಿದರೆ ಕಾಲು ಅಲುಗದು. ಕೆಲವರಲ್ಲಿ ಕೈಯೋ ಕುತ್ತಿಗೆಯೋ ತಾಳ ಹಾಕಿದಂತೆ ಚಿಮ್ಮುತ್ತದೆ. ಇವು ಮಿದುಳಿನ ಕಾಂಡಕ್ಕೆ ಮತ್ತು ಬೆನ್ನುಹುರಿಯ ಮೇಲ್ಭಾಗಕ್ಕೆ ಏಟು ಬಿದ್ದಿರುವ ಗುರುತು. ಎಲ್ಲರಲ್ಲೂ ಇವು ಕಾಣುವುದಿಲ್ಲ. ಹಾಗಾಗಿ ನಮ್ಮಲ್ಲಿ ನಿಯಮ ಸರಳ: ಜ್ವರ ಮತ್ತು ಮಂಪರು ಇರುವ ರೋಗಿಯ ಉಸಿರು ಕೆಟ್ಟರೆ, ಕಾರಣ ಗೊತ್ತಾಗುವ ಮೊದಲೇ ಅವನನ್ನು ಪ್ರತ್ಯೇಕ ಕೋಣೆಗೆ ಸಾಗಿಸಬೇಕು.

ಉಸಿರಿಗೆ ಇಷ್ಟು ಒತ್ತು ಕೊಡಲು ಕಾರಣವಿದೆ. 1998-99ರಲ್ಲಿ ಮಲೇಷ್ಯಾದಲ್ಲಿ ವೈರಸ್ ಹಂದಿಗಳಿಂದ ಹಬ್ಬಿತು, ಅಲ್ಲಿ ಮಿದುಳು ಜ್ವರವೇ ಮುಖ್ಯವಾಗಿತ್ತು, ಒಬ್ಬರಿಂದ ಒಬ್ಬರಿಗೆ ಅಂಟಿದ್ದು ಕಡಿಮೆ. ಬಾಂಗ್ಲಾದೇಶ ಮತ್ತು ಭಾರತದ ತಳಿಯಲ್ಲಿ ಶ್ವಾಸಕೋಶವೂ ಹೆಚ್ಚಾಗಿ ಕೆಡುತ್ತದೆ. ಎಲ್ಲ ರೋಗಿಗಳೂ ಹರಡುವುದಿಲ್ಲ. ಹೆಚ್ಚಾಗಿ ಹರಡುವವರು ಕೆಮ್ಮುವವರು, ಉಸಿರಿಗೆ ಒದ್ದಾಡುವವರು, ಅದೂ ಕಾಯಿಲೆಯ ಕೊನೆಯ ದಿನಗಳಲ್ಲಿ. ಅವರ ಜೊಲ್ಲು ಒರೆಸಿದ, ನೀರು ಕುಡಿಸಿದ ಅಟೆಂಡರ್‌ಗೆ ಸೋಂಕು ತಗಲುತ್ತದೆ. 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ ಸೋಂಕಿತರಲ್ಲಿ ಹೆಚ್ಚಿನವರು ಆಸ್ಪತ್ರೆಯ ಸಿಬ್ಬಂದಿ, ರೋಗಿಗಳು, ಅವರನ್ನು ನೋಡಲು ಬಂದವರು. 2018ರ ಕೋಝಿಕ್ಕೋಡ್‌ನಲ್ಲಿ ಮೊದಲ ರೋಗಿಯನ್ನು ಸಿಟಿ ಸ್ಕ್ಯಾನ್‌ಗೆ ಕರೆದೊಯ್ದ ಕಾರಿಡಾರ್‌ನಲ್ಲೇ ಹಲವರಿಗೆ ಸೋಂಕು ತಗುಲಿತು. ಅವರಲ್ಲಿ ಹಲವರು ಅವನ ಸಂಬಂಧಿಕರಲ್ಲ, ಆ ಹೊತ್ತಿಗೆ ಅಲ್ಲಿದ್ದ ಬೇರೆಯವರು.

ನಮ್ಮ ಅಭ್ಯಾಸದಲ್ಲಿ ಆದ ತಪ್ಪೂ ಇದೇ. ಮೊದಲ ಸಲ ಆ ಯುವಕನನ್ನು ಸ್ಟ್ರೆಚರ್‌ನಲ್ಲಿ ಸಿಟಿ ಸ್ಕ್ಯಾನ್‌ಗೆ ಕಳಿಸಿದೆವು. ಸ್ಕ್ಯಾನ್ ಕೋಣೆಯ ಹೊರಗೆ ಅವನು ಇಪ್ಪತ್ತೈದು ನಿಮಿಷ ಮಲಗಿದ್ದ, ಸುತ್ತ ಹನ್ನೊಂದು ಜನ. ಅಷ್ಟು ಜನರ ಹೆಸರನ್ನು ಕಲೆಹಾಕಲು ಸಿಸಿ ಟಿವಿ ಮುಂದೆ ಎರಡು ಗಂಟೆ ಕೂರಬೇಕಾಯಿತು. ಈಗ ಸ್ಕ್ಯಾನ್ ಅನಿವಾರ್ಯವಾದರೆ ರೋಗಿಗೆ ಮಾಸ್ಕ್ ಹಾಕಿ, ಕಾರಿಡಾರ್ ಖಾಲಿ ಮಾಡಿಸಿ, ಸರದಿಯ ಕೊನೆಗೆ ಕರೆದೊಯ್ಯುತ್ತೇವೆ.

ಎರಡನೆಯ ತಪ್ಪು ಪ್ರಶ್ನೆಯಲ್ಲಿತ್ತು. "ಊರಿಗೆ ಹೋಗಿದ್ರಾ?" ಎಂದು ಕೇಳಿದರೆ ಗೆಳೆಯರು "ಹೂಂ, ಮೊನ್ನೆ ಮೊನ್ನೆ ಕೋಝಿಕ್ಕೋಡ್‌ಗೆ" ಅಂದರು, ಅಲ್ಲಿಗೆ ಮುಗಿಯಿತು. ನಾವು ಕೇಳಬೇಕಿದ್ದದ್ದು ಇನ್ನೊಂದು: "ಕಳೆದ ಮೂರು ವಾರದಲ್ಲಿ ಜ್ವರದಿಂದ ಮಲಗಿದವರ ಆರೈಕೆ ಮಾಡಿದ್ರಾ? ಮನೆಯಲ್ಲಿ, ಪಕ್ಕದಲ್ಲಿ ಯಾರಾದರೂ ತೀರಿಹೋದರಾ?" ಆಗ ಗೊತ್ತಾಗುತ್ತದೆ, ಹತ್ತು ದಿನದ ಹಿಂದೆ ಇವನು ಚಿಕ್ಕಪ್ಪನ ಪಕ್ಕ ಎರಡು ರಾತ್ರಿ ಆಸ್ಪತ್ರೆಯಲ್ಲಿ ಕೂತಿದ್ದ, ಚಿಕ್ಕಪ್ಪ ನ್ಯುಮೋನಿಯಾ ಎಂದು ತೀರಿಹೋದರು. 2018ರಲ್ಲೂ 2023ರಲ್ಲೂ ಕೋಝಿಕ್ಕೋಡ್‌ನ ಮೊದಲ ರೋಗಿ ನಿಫಾ ಎಂದು ಯಾರಿಗೂ ಗೊತ್ತಾಗುವ ಮೊದಲೇ ತೀರಿಕೊಂಡಿದ್ದರು, ಅನುಮಾನ ಬಂದದ್ದು ನಂತರದವರು ಕಾಯಿಲೆ ಬಿದ್ದಾಗ. ಬಾವಲಿ ಕಚ್ಚಿದ ಹಣ್ಣು ತಿಂದಿರಾ ಎಂದೂ ಕೇಳುತ್ತೇವೆ, ಆದರೆ ಆ ಉತ್ತರಕ್ಕೆ ನಾನು ಹೆಚ್ಚು ತೂಕ ಕೊಡುವುದಿಲ್ಲ. ಇಲ್ಲ ಎಂದವರಲ್ಲೂ ಕಾಯಿಲೆ ಬಂದಿದೆ.

ಕೋಣೆಯೊಳಗೆ ಹೋಗುವವರು ಕಡಿಮೆ ಇರಲಿ: ಒಬ್ಬ ವೈದ್ಯರು, ಒಬ್ಬ ನರ್ಸ್. ಎನ್95 ಮಾಸ್ಕ್, ಕಣ್ಣಿಗೆ ಕವಚ, ಉದ್ದ ತೋಳಿನ ನೀರು ಇಳಿಯದ ಗೌನ್, ಎರಡು ಜೊತೆ ಗ್ಲೌಸ್. ಉಸಿರಾಟಕ್ಕೆ ಗಂಟಲೊಳಗೆ ಟ್ಯೂಬ್ ಹಾಕುವುದು, ಕಫ ಎಳೆಯುವುದು, ನೆಬ್ಯುಲೈಸರ್ ಕೊಡುವುದು ಅಪಾಯ ಹೆಚ್ಚಿರುವ ಕೆಲಸಗಳು. ಟ್ಯೂಬ್ ಬೇಕಾಗುವುದು ಕಾಣುತ್ತಿದ್ದರೆ ಕೊನೆ ಗಳಿಗೆಯ ಗಡಿಬಿಡಿಗೆ ಕಾಯದೆ, ಅನುಭವಿಗಳು ತಯಾರಾಗಿ ಹೋಗಿ ಮುಂಚೆಯೇ ಹಾಕುವುದು ಒಳ್ಳೆಯದು. ಸೋಂಕು ತಗಲುವ ಇನ್ನೊಂದು ಗಳಿಗೆ ಕವಚ ಕಳಚುವಾಗ. ಸುಸ್ತಾದ ನರ್ಸ್ ಗ್ಲೌಸಿನ ಬೆರಳಲ್ಲೇ ಕನ್ನಡಕ ಸರಿಮಾಡಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೇ ಹೊರಗಡೆ ಇನ್ನೊಬ್ಬರು ನಿಂತು "ಸಿಸ್ಟರ್, ಈಗ ಗೌನ್ ಒಳಗಡೆ ತಿರುಗಿಸಿ, ಈಗ ಕೈ ತೊಳೀರಿ" ಎಂದು ಒಂದೊಂದೇ ಹೆಜ್ಜೆ ಹೇಳಿಕೊಡುತ್ತಾರೆ. ಮಾಸ್ಕ್ ತೆಗೆಯುವುದು ಕೊನೆಗೆ, ಕೋಣೆಯಿಂದ ಹೊರಬಂದ ಮೇಲೆ.

ಈ ವೈರಸ್‌ಗೆ ಕೊಬ್ಬಿನ ಹೊದಿಕೆ ಇರುವುದರಿಂದ ಸೋಪು, ಸ್ಯಾನಿಟೈಸರ್ ಅದನ್ನು ಕೊಲ್ಲುತ್ತವೆ. ಚೆಲ್ಲಿದ ಕಫಕ್ಕೆ, ವಾಂತಿಗೆ ಶೇ. 1ರ ಹೈಪೋಕ್ಲೋರೈಟ್ ಎಂಬ ಬ್ಲೀಚ್ ದ್ರಾವಣ ಬೇಕು. ಶೇ. 5ರ ಬಾಟಲಿಯಿಂದ ಒಂದು ಲೋಟಕ್ಕೆ ನಾಲ್ಕು ಲೋಟ ನೀರು. ಬೆಳಗ್ಗೆ ಬೆರೆಸಿದ್ದನ್ನು ಮರುದಿನ ಬಳಸಬೇಡಿ, ಇಟ್ಟಷ್ಟೂ ಶಕ್ತಿ ಕಳೆದುಕೊಳ್ಳುತ್ತದೆ.

ಗಂಟಲಿನ ಸ್ವ್ಯಾಬ್, ರಕ್ತ, ಮೂತ್ರ, ಸಾಧ್ಯವಾದರೆ ಬೆನ್ನುಹುರಿಯ ನೀರು, ಇವನ್ನು ಮೂರು ಪದರದ ಪ್ಯಾಕಿಂಗ್‌ನಲ್ಲಿ ತಣ್ಣಗೆ ಕಳಿಸಬೇಕು. ಮೊದಲು ಜಿಲ್ಲಾ ಸರ್ವೇಕ್ಷಣಾಧಿಕಾರಿಗೆ ಫೋನ್ ಮಾಡಬೇಕು. ಖಚಿತ ಉತ್ತರ ಬರುವುದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಎನ್‌ಐವಿಯಿಂದ. ಸ್ವ್ಯಾಬ್ ಒಂದು ಸಲ ನೆಗೆಟಿವ್ ಬಂದರೂ ರೋಗದ ಚಿತ್ರ ಹೊಂದುತ್ತಿದ್ದರೆ ಪ್ರತ್ಯೇಕಿಸಿದ್ದನ್ನು ಸಡಿಲಿಸದೆ ಮತ್ತೆ ಕಳಿಸುತ್ತೇವೆ. ಅಷ್ಟರಲ್ಲಿ ಏಸಿಕ್ಲೋವಿರ್, ಸೆಫ್ಟ್ರಿಯಾಕ್ಸೋನ್, ಡಾಕ್ಸಿಸೈಕ್ಲಿನ್ ಶುರುವಾಗಿರಬೇಕು. ಹರ್ಪಿಸ್, ಬ್ಯಾಕ್ಟೀರಿಯಾ, ಸ್ಕ್ರಬ್ ಟೈಫಸ್ ಇದ್ದರೆ ಅವಕ್ಕೆ ಔಷಧಿ ಇದೆ. ನಿಫಾಗೆ ಪರವಾನಗಿ ಪಡೆದ ಔಷಧಿಯೂ ಇಲ್ಲ, ಲಸಿಕೆಯೂ ಇಲ್ಲ.

ಸಂಪರ್ಕಿತರ ಪಟ್ಟಿಗೆ ಜ್ವರ ಶುರುವಾದ ದಿನವೇ ಗೆರೆ. ಇವನು ಬೆಂಗಳೂರಿಗೆ ಬಂದ ಸ್ಲೀಪರ್ ಬಸ್ಸು ಜ್ವರಕ್ಕಿಂತ ಐದು ದಿನ ಮೊದಲಿನದು, ಆ ಪ್ರಯಾಣಿಕರನ್ನು ಹುಡುಕಿ ಹೆದರಿಸುವ ಅಗತ್ಯವಿಲ್ಲ. ಪಿಜಿಯ ಗೆಳೆಯರು, ಆಟೋ ಚಾಲಕ, ಮೊದಲು ತೋರಿಸಿದ ಕ್ಲಿನಿಕ್‌ನವರು, ಸಿಟಿ ಸ್ಕ್ಯಾನ್ ಕಾರಿಡಾರ್‌ನಲ್ಲಿದ್ದವರು, ಇವರೆಲ್ಲ ಪಟ್ಟಿಗೆ ಸೇರುತ್ತಾರೆ. ಗೆಳೆಯರಲ್ಲೂ ವಾಂತಿ ಒರೆಸಿದವನು ಹೆಚ್ಚು ಅಪಾಯದವನು, ಬಾಗಿಲಲ್ಲಿ ನಿಂತು ಮಾತಾಡಿಸಿದವನು ಕಡಿಮೆ ಅಪಾಯದವನು. ಪ್ರತಿಯೊಬ್ಬರ 21 ದಿನ ಅವರವರ ಕೊನೆಯ ಸಂಪರ್ಕದಿಂದ ಶುರು. ಕಾಯಿಲೆ ಸಾಮಾನ್ಯವಾಗಿ 4ರಿಂದ 14 ದಿನದಲ್ಲಿ ತಲೆದೋರುತ್ತದೆ. ಅಂತ್ಯಕ್ರಿಯೆಗೆ ಬಂದವರೂ ಪಟ್ಟಿಯಲ್ಲಿರಬೇಕು. 2024ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ ಯುವಕನೊಬ್ಬ ಮಲಪ್ಪುರಂನಲ್ಲಿ ತೀರಿಕೊಂಡಾಗ, ಅಂತ್ಯಕ್ರಿಯೆಗೆ ಹೋಗಿಬಂದ ಸಹಪಾಠಿಗಳನ್ನು ಇಲ್ಲಿ ನಿಗಾದಲ್ಲಿ ಇಡಬೇಕಾಯಿತು.

ಅಭ್ಯಾಸದ ಕೊನೆಯಲ್ಲಿ ಪಟ್ಟಿಯನ್ನು ಗೋಡೆಗೆ ಅಂಟಿಸಿ ಎಲ್ಲರೂ ಓದಿದೆವು. ಒಬ್ಬ ನರ್ಸ್ ಕೇಳಿದರು: "ಸರ್, ಬೆಡ್‌ಶೀಟ್ ಬದಲಾಯಿಸಿ ನೆಲ ಒರೆಸಿದ ಅಕ್ಕ ಎಲ್ಲಿ?" ಆಕೆ ಗುತ್ತಿಗೆ ಸ್ವಚ್ಛತಾ ಸಿಬ್ಬಂದಿ, ನಮ್ಮ ಡ್ಯೂಟಿ ರಿಜಿಸ್ಟರ್‌ನಲ್ಲಿ ಹೆಸರೇ ಇರಲಿಲ್ಲ, ಶಿಫ್ಟ್ ಮುಗಿಸಿ ಮನೆಗೆ ಹೋಗಿಯಾಗಿತ್ತು. ಬರಿಗೈಯಲ್ಲಿ ಕಫ ಒರೆಸಿದ್ದವರು ಆಕೆಯೇ. ಈಗ ಆ ಕೋಣೆಯ ಬಾಗಿಲಿಗೆ ಒಂದು ನೋಟ್‌ಬುಕ್ ಕಟ್ಟಿದ್ದೇವೆ: ಒಳಗೆ ಕಾಲಿಡುವ ಯಾರೇ ಆಗಲಿ ಹೆಸರು, ಫೋನ್ ನಂಬರ್, ಒಳಹೋದ ಮತ್ತು ಹೊರಬಂದ ಹೊತ್ತು ಬರೆಯಬೇಕು. ಬರೆಯಲು ಬಾರದವರ ಹೆಸರನ್ನು ಹೊರಗೆ ನಿಂತವರು ಬರೆದುಕೊಳ್ಳುತ್ತಾರೆ.