ಇರದ ಗಾಜಿನ ಚೂರುಗಳು: ಪ್ರತ್ಯಕ್ಷದರ್ಶಿಯ ನೆನಪಿಗೆ ಪ್ರಶ್ನೆಗಳು ಸೇರಿಸುವ ವಿವರಗಳು

ಅಪಘಾತವೊಂದನ್ನು ಕಣ್ಣಾರೆ ಕಂಡವರ ಹೇಳಿಕೆ ಮೊದಲ ದಿನ ಒಂದು ರೀತಿ, ಕೆಲವು ತಿಂಗಳ ನಂತರ ಇನ್ನೊಂದು ರೀತಿ ಇದ್ದರೆ, ಸಾಕ್ಷಿ ಸುಳ್ಳು ಹೇಳುತ್ತಿದ್ದಾರೆ ಅಥವಾ ಮರೆತಿದ್ದಾರೆ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಮೂರನೆಯ ಸಾಧ್ಯತೆಯೊಂದಿದೆ. ಹೇಳಿಕೆ ತೆಗೆದುಕೊಳ್ಳುವಾಗ ಕೇಳಿದ ಪ್ರಶ್ನೆಯಲ್ಲಿದ್ದ ಒಂದು ವಿವರ ಸಾಕ್ಷಿಯ ನೆನಪಿನೊಳಗೆ ಸೇರಿಕೊಂಡು, ಆಮೇಲೆ ತಾನೇ ಕಂಡದ್ದೆಂಬಂತೆ ಹೊರಬರಬಹುದು. ಇದರ ಬಗ್ಗೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಸಂಶೋಧನೆ ನಡೆದಿದೆ. ಆದರೂ ‘ನೆನಪು ಸಂಪೂರ್ಣ ನಂಬಲರ್ಹ’ ಎಂಬ ಮಾತು ಮತ್ತು ‘ಸಾಕ್ಷಿಗಳನ್ನು ನಂಬಲೇಬಾರದು’ ಎಂಬ ಮಾತು ಎರಡೂ ಈಗಲೂ ಒಟ್ಟೊಟ್ಟಿಗೆ ಕೇಳಿಬರುತ್ತವೆ. ಪ್ರಯೋಗಗಳು ತೋರಿಸಿಕೊಟ್ಟದ್ದು ಇವೆರಡಕ್ಕೂ ಹೊಂದುವುದಿಲ್ಲ.

ಆರಂಭದ ಕಥೆ ಚಿಕ್ಕದು. 1900ರಲ್ಲಿ ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಆಲ್ಫ್ರೆಡ್ ಬಿನೆ ಅವರು, ಕೇಳುವ ಪ್ರಶ್ನೆಯ ಒತ್ತಾಯಕ್ಕೆ ತಕ್ಕಂತೆ ಮಕ್ಕಳ ಉತ್ತರ ಬದಲಾಗುತ್ತದೆ ಎಂದು ಬರೆದರು. 1908ರಲ್ಲಿ ಮನಶ್ಶಾಸ್ತ್ರಜ್ಞ ಹ್ಯೂಗೊ ಮುನ್‌ಸ್ಟರ್‌ಬರ್ಗ್ ಇದನ್ನು ವಕೀಲರ ಮುಂದಿಟ್ಟಾಗ ಅವರಲ್ಲಿ ಹಲವರು ಒಪ್ಪಲಿಲ್ಲ. 1932ರಲ್ಲಿ ಬ್ರಿಟನ್ನಿನ ಫ್ರೆಡರಿಕ್ ಬಾರ್ಟ್ಲೆಟ್ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಅಪರಿಚಿತ ಸಂಸ್ಕೃತಿಯ ಕಥೆಯೊಂದನ್ನು ಓದಿದವರು ಅದನ್ನು ಮತ್ತೆ ಮತ್ತೆ ಬರೆಯುವಾಗ ತಮಗೆ ಅರ್ಥವಾಗದ ಭಾಗಗಳನ್ನು ಬಿಟ್ಟು, ಉಳಿದದ್ದನ್ನು ತಮಗೆ ಪರಿಚಿತವಾದ ರೂಪಕ್ಕೆ ತಿದ್ದಿಕೊಂಡಿದ್ದರು. ನೆನಪಿಸಿಕೊಳ್ಳುವುದೆಂದರೆ ಉಳಿದುಕೊಂಡ ತುಣುಕುಗಳಿಂದ ಹೊಸದಾಗಿ ಕಟ್ಟುವ ಕೆಲಸ ಎಂಬ ವಿಚಾರ ಬೇರೂರಿದ್ದು ಅಲ್ಲಿಂದ. ಆ ನಂತರದ ನಾಲ್ಕು ದಶಕಗಳಲ್ಲಿ ಈ ವಿಷಯ ಹೆಚ್ಚುಕಡಿಮೆ ಮೂಲೆಯಲ್ಲೇ ಉಳಿಯಿತು.

1974ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಪ್ರಕಟಿಸಿದ ಪ್ರಯೋಗವನ್ನು ನಿಧಾನವಾಗಿ ನೋಡಬೇಕು. ಇಂದಿನ ಬಹುತೇಕ ಗೊಂದಲಗಳ ಬೀಜ ಅಲ್ಲೇ ಇದೆ. ಅವರು 45 ವಿದ್ಯಾರ್ಥಿಗಳಿಗೆ ಕಾರು ಅಪಘಾತಗಳ ಏಳು ಚಿಕ್ಕ ಚಲನಚಿತ್ರಗಳನ್ನು ತೋರಿಸಿ, ಪ್ರತಿಯೊಂದರ ನಂತರವೂ ವೇಗವನ್ನು ಅಂದಾಜು ಮಾಡಲು ಹೇಳಿದರು. ಪ್ರಶ್ನೆಯಲ್ಲಿ ಬದಲಾಗುತ್ತಿದ್ದುದು ಕ್ರಿಯಾಪದ ಮಾತ್ರ. ಕಾರುಗಳು ಒಂದಕ್ಕೊಂದು ‘ಅಪ್ಪಳಿಸಿದಾಗ’ ಎಷ್ಟು ವೇಗದಲ್ಲಿದ್ದವು ಎಂದು ಕೇಳಿದವರಿಗೆ ಬಂದ ಸರಾಸರಿ ಉತ್ತರ ಗಂಟೆಗೆ 40.8 ಮೈಲಿ, ‘ಗುದ್ದಿದಾಗ’ ಎಂದು ಕೇಳಿದವರಿಗೆ 34, ‘ತಾಗಿದಾಗ’ ಎಂದು ಕೇಳಿದವರಿಗೆ 31.8. ನೋಡಿದ ಚಿತ್ರಗಳು ಎಲ್ಲರಿಗೂ ಅವೇ.

ಇಷ್ಟರಿಂದಲೇ ನೆನಪು ಬದಲಾಯಿತು ಎನ್ನಲು ಬರುವುದಿಲ್ಲ. ವೇಗವನ್ನು ಅಂದಾಜು ಮಾಡುವುದು ಹೇಗೂ ಕಷ್ಟ. 30 ಮೈಲಿಯೋ 40 ಮೈಲಿಯೋ ಎಂಬ ಅನುಮಾನದಲ್ಲಿದ್ದವರು ಪ್ರಶ್ನೆಯ ಧಾಟಿಯನ್ನು ನೋಡಿ ಉತ್ತರವನ್ನು ಆ ಕಡೆಗೆ ವಾಲಿಸಿರಬಹುದು. ಲಾಫ್ಟಸ್ ಮತ್ತು ಪಾಮರ್ ಅವರಿಗೂ ಈ ಅನುಮಾನವಿತ್ತು, ಅದಕ್ಕಾಗಿಯೇ ಎರಡನೆಯ ಪ್ರಯೋಗ ನಡೆಯಿತು. ಈ ಬಾರಿ 150 ವಿದ್ಯಾರ್ಥಿಗಳು ಒಂದೇ ಚಿತ್ರವನ್ನು ನೋಡಿದರು, ಅದರಲ್ಲಿ ಅಪಘಾತದ ದೃಶ್ಯ ಕೇವಲ ನಾಲ್ಕು ಸೆಕೆಂಡಿನದು. 50 ಮಂದಿಗೆ ‘ಅಪ್ಪಳಿಸಿದಾಗ’ ಎಂದೂ, 50 ಮಂದಿಗೆ ‘ಗುದ್ದಿದಾಗ’ ಎಂದೂ ಕೇಳಲಾಯಿತು, ಉಳಿದ 50 ಮಂದಿಗೆ ವೇಗದ ಪ್ರಶ್ನೆಯನ್ನೇ ಹಾಕಲಿಲ್ಲ. ಒಂದು ವಾರದ ನಂತರ, ಚಿತ್ರವನ್ನು ಮತ್ತೆ ತೋರಿಸದೆ, ಒಡೆದ ಗಾಜನ್ನು ನೋಡಿದಿರಾ ಎಂದು ಎಲ್ಲರನ್ನೂ ಕೇಳಿದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ‘ಅಪ್ಪಳಿಸಿದಾಗ’ ಗುಂಪಿನಲ್ಲಿ 16 ಮಂದಿ, ‘ಗುದ್ದಿದಾಗ’ ಗುಂಪಿನಲ್ಲಿ 7 ಮಂದಿ, ಪ್ರಶ್ನೆಯೇ ಇಲ್ಲದ ಗುಂಪಿನಲ್ಲಿ 6 ಮಂದಿ ಹೌದು ಎಂದರು. ಅಪ್ಪಳಿಸಿದ ಕಾರಿನ ಗಾಜು ಒಡೆಯುವುದು ಸಹಜವಾದ್ದರಿಂದ, ವಾರದ ಹಿಂದೆ ಕೇಳಿದ ಒಂದು ಪದಕ್ಕೆ ಹೊಂದುವಂತೆ ದೃಶ್ಯ ತನ್ನನ್ನು ತಾನೇ ಪೂರ್ತಿ ಮಾಡಿಕೊಂಡಿತ್ತು.

ಈ ಅಂಕಿಗಳನ್ನು ಉಲ್ಲೇಖಿಸುವವರು ಸಾಮಾನ್ಯವಾಗಿ 16ಕ್ಕೆ ನಿಲ್ಲುತ್ತಾರೆ. ಅದೇ ಗುಂಪಿನಲ್ಲಿ ಉಳಿದ 34 ಮಂದಿ ಇಲ್ಲ ಎಂದಿದ್ದರು. ಯಾವ ಪ್ರಶ್ನೆಯ ಪ್ರಭಾವವೂ ಇಲ್ಲದ 6 ಮಂದಿ ಇರದ ಗಾಜನ್ನು ಕಂಡಿದ್ದರು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡರೆ ಮಾತ್ರ ಚಿತ್ರ ಸರಿಯಾಗುತ್ತದೆ.

ಮರುವರ್ಷ ಲಾಫ್ಟಸ್ ನಡೆಸಿದ ಪ್ರಯೋಗ ಸೂಚಕ ಪ್ರಶ್ನೆಯ, ಅಂದರೆ ಉತ್ತರವನ್ನು ತಾನೇ ಸೂಚಿಸಿಬಿಡುವ ಪ್ರಶ್ನೆಯ, ಒಳಗುಟ್ಟನ್ನು ಇನ್ನಷ್ಟು ಸ್ಪಷ್ಟವಾಗಿ ತೋರಿಸಿತು. ಬಿಳಿ ಕಾರೊಂದು ಹಳ್ಳಿಯ ರಸ್ತೆಯಲ್ಲಿ ಸಾಗುವ ಚಿತ್ರವನ್ನು 150 ಮಂದಿ ನೋಡಿದರು. ಅರ್ಧದಷ್ಟು ಮಂದಿಗೆ ‘ಹಳ್ಳಿಯ ರಸ್ತೆಯಲ್ಲಿ ಹೋಗುತ್ತಾ ಕಣಜವನ್ನು ದಾಟಿದಾಗ ಬಿಳಿ ಕಾರು ಎಷ್ಟು ವೇಗದಲ್ಲಿತ್ತು?’ ಎಂದು ಕೇಳಲಾಯಿತು. ಉಳಿದವರ ಪ್ರಶ್ನೆಯಲ್ಲಿ ಕಣಜದ ಮಾತಿರಲಿಲ್ಲ, ಚಿತ್ರದಲ್ಲೂ ಕಣಜವಿರಲಿಲ್ಲ. ವಾರದ ಬಳಿಕ ಕಣಜವನ್ನು ನೋಡಿದ್ದೆವು ಎಂದವರು ಮೊದಲ ಗುಂಪಿನಲ್ಲಿ ಶೇ 17.3, ಎರಡನೆಯದರಲ್ಲಿ ಶೇ 2.7. ಇಲ್ಲಿ ಗಮನಿಸಬೇಕಾದದ್ದು ವಾಕ್ಯದ ರಚನೆ. ಕೇಳಿಸಿಕೊಳ್ಳುವವರ ಮನಸ್ಸು ‘ಎಷ್ಟು ವೇಗ’ ಎಂಬುದಕ್ಕೆ ಉತ್ತರ ಹುಡುಕುವುದರಲ್ಲಿ ತೊಡಗಿರುತ್ತದೆ, ‘ಕಣಜವನ್ನು ದಾಟಿದಾಗ’ ಎಂಬ ಭಾಗ ಆಗಲೇ ತೀರ್ಮಾನವಾದ ಸಂಗತಿಯಂತೆ ಪಕ್ಕದಿಂದ ಒಳಗೆ ಬರುತ್ತದೆ. ಕಣಜವಿತ್ತೇ ಎಂದು ನೇರವಾಗಿ ಕೇಳಿದ್ದರೆ ಬಹಳ ಮಂದಿ ಒಂದು ಕ್ಷಣ ತಡೆದು ಯೋಚಿಸುತ್ತಿದ್ದರು.

ಕನ್ನಡದಲ್ಲಿ ಈ ಕೆಲಸ ಎಷ್ಟು ಸುಲಭವಾಗಿ ಆಗುತ್ತದೆ ಎಂಬುದನ್ನು ನೋಡಬಹುದು. ‘ಅವನ ಕೈಯಲ್ಲಿ ಏನಾದರೂ ಇತ್ತೇ?’ ಎಂಬ ಪ್ರಶ್ನೆ ಯಾವುದನ್ನೂ ಒಪ್ಪಿಕೊಂಡು ಹೊರಟಿಲ್ಲ. ‘ಚಾಕು ಯಾವ ಕೈಯಲ್ಲಿತ್ತು?’ ಎಂಬುದು ಚಾಕುವನ್ನು ಆಗಲೇ ಕೈಗೆ ಕೊಟ್ಟಿದೆ. ‘ಆ ಚಾಕು’ ಎಂದರಂತೂ, ಇಬ್ಬರಿಗೂ ಮೊದಲೇ ಗೊತ್ತಿರುವ ವಸ್ತುವೊಂದರ ಬಗ್ಗೆ ಮಾತಾಡುತ್ತಿದ್ದೇವೆ ಎಂಬ ಭಾವ ಬಂದುಬಿಡುತ್ತದೆ. ಕೇಳುವವರಿಗೆ ಕೆಟ್ಟ ಉದ್ದೇಶ ಇರಬೇಕಾಗಿಲ್ಲ. ಇನ್ನೊಬ್ಬ ಸಾಕ್ಷಿ ಚಾಕುವಿನ ಮಾತೆತ್ತಿದ್ದರೆ, ಮುಂದಿನವರನ್ನು ಕೇಳುವಾಗ ಅದು ತಾನಾಗಿ ನಾಲಿಗೆಗೆ ಬರುತ್ತದೆ.

1978ರ ಹೊತ್ತಿಗೆ ಇಂಥ ಫಲಿತಾಂಶಗಳು ಸಾಕಷ್ಟು ಒಟ್ಟಾಗಿದ್ದವು, ಹೊಸ ಮಾಹಿತಿ ಹಳೆಯ ನೆನಪನ್ನು ಅಳಿಸಿ ಅದರ ಜಾಗದಲ್ಲಿ ಕೂರುತ್ತದೆ ಎಂಬ ವಾದವೂ ಬಲವಾಯಿತು. ವಿಷಯ ನಿಜವಾಗಿ ಜಟಿಲವಾದದ್ದು 1985ರಲ್ಲಿ. ಮೈಕೆಲ್ ಮೆಕ್ಲಾಸ್ಕಿ ಮತ್ತು ಮರಿಯಾ ಜಾರಗೋಜಾ ಆ ವಾದದ ತರ್ಕದಲ್ಲೇ ಒಂದು ಬಿರುಕನ್ನು ಎತ್ತಿ ತೋರಿಸಿದರು. ಅದನ್ನು ಕಾಲ್ಪನಿಕ ಲೆಕ್ಕವೊಂದರಿಂದ ತಿಳಿಯಬಹುದು.

ನೂರು ಮಂದಿ ಚಿತ್ರದಲ್ಲಿ ಸುತ್ತಿಗೆಯನ್ನು ನೋಡಿದ್ದಾರೆ, ಅವರಲ್ಲಿ 40 ಮಂದಿಗೆ ಅದು ನೆನಪಿದೆ, 60 ಮಂದಿ ಮರೆತಿದ್ದಾರೆ ಎಂದುಕೊಳ್ಳೋಣ. ಯಾರೂ ದಾರಿ ತಪ್ಪಿಸದೆ ‘ಸುತ್ತಿಗೆಯೋ ಸ್ಕ್ರೂಡ್ರೈವರೋ’ ಎಂದು ಕೇಳಿದರೆ, 40 ಮಂದಿ ಸರಿಯಾಗಿ ಹೇಳುತ್ತಾರೆ, ಮರೆತವರಲ್ಲಿ ಅರ್ಧದಷ್ಟು ಅಂದರೆ 30 ಮಂದಿ ಊಹೆಯಿಂದ ಸರಿಯಾಗುತ್ತಾರೆ, ಒಟ್ಟು 70. ಈಗ ಇನ್ನೊಂದು ನೂರು ಮಂದಿಗೆ ನಡುವೆ ಸ್ಕ್ರೂಡ್ರೈವರ್ ಎಂದಿರುವ ವರದಿಯನ್ನು ಓದಿಸಿದ್ದಾರೆ. ಸುತ್ತಿಗೆಯನ್ನು ಮರೆತ 60 ಮಂದಿಯಲ್ಲಿ 30 ಮಂದಿಗೆ ವರದಿಯ ಆ ಪದ ನೆನಪಿದ್ದರೆ, ಅವರು ಊಹಿಸುವ ಬದಲು ಸ್ಕ್ರೂಡ್ರೈವರನ್ನೇ ಆರಿಸುತ್ತಾರೆ. ಉಳಿದ 30ರಲ್ಲಿ 15 ಮಂದಿ ಊಹೆಯಿಂದ ಸರಿಯಾಗುತ್ತಾರೆ. ಒಟ್ಟು 55. ಸರಿ ಉತ್ತರಗಳು 70ರಿಂದ 55ಕ್ಕೆ ಇಳಿದಿವೆ, ಆದರೂ ಯಾರ ನೆನಪೂ ಅಳಿಸಿಲ್ಲ. ಹಾಗಾದರೆ ಅಳಿಸಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅವರಿಬ್ಬರು ಪರೀಕ್ಷೆಯ ಆಯ್ಕೆಯಿಂದ ಸ್ಕ್ರೂಡ್ರೈವರನ್ನು ತೆಗೆದು, ‘ಸುತ್ತಿಗೆಯೋ ಸ್ಪ್ಯಾನರೋ’ ಎಂದು ಕೇಳಿದರು. ಹಳೆಯ ನೆನಪು ಹೋಗಿದ್ದರೆ ದಾರಿ ತಪ್ಪಿಸಲ್ಪಟ್ಟ ಗುಂಪು ಇಲ್ಲಿಯೂ ಹಿಂದೆ ಬೀಳಬೇಕಿತ್ತು. ಎರಡೂ ಗುಂಪುಗಳು ಹೆಚ್ಚುಕಡಿಮೆ ಸಮನಾಗಿಯೇ ಉತ್ತರಿಸಿದವು.

ಈ ವಾದವನ್ನು ಕೆಲವರು ‘ಸುಳ್ಳು ನೆನಪು ಎಂಬುದೇ ಇಲ್ಲ’ ಎಂದು ಓದಿಕೊಂಡರು. ಅದು ಅವಸರದ ಓದು ಎಂದೇ ನನ್ನ ಅಭಿಪ್ರಾಯ. ಹಳೆಯದು ಅಳಿದಿಲ್ಲ ಎಂದ ಮಾತ್ರಕ್ಕೆ ಹೊಸದು ಸೇರಿಲ್ಲ ಎಂದಾಗುವುದಿಲ್ಲ. 1989ರಲ್ಲಿ ಸ್ಟೀಫನ್ ಲಿಂಡ್ಸೆ ಮತ್ತು ಮಾರ್ಷಿಯಾ ಜಾನ್ಸನ್ ಪ್ರಶ್ನೆಯನ್ನು ಬೇರೆ ಕಡೆಯಿಂದ ಹಿಡಿದರು: ಈ ವಿವರ ಚಿತ್ರದಲ್ಲಿತ್ತೋ, ವರದಿಯಲ್ಲಿತ್ತೋ, ಎರಡರಲ್ಲೂ ಇತ್ತೋ ಎಂದು ಪ್ರತಿಯೊಂದಕ್ಕೂ ಕೇಳಿದಾಗ, ಬರೀ ಹೌದು–ಇಲ್ಲ ಎಂದು ಕೇಳಿದಾಗ ಕಂಡುಬಂದ ತಪ್ಪುಗಳು ಬಹಳಷ್ಟು ಮಾಯವಾದವು. ಅಂದರೆ ವಿವರ ನೆನಪಿನಲ್ಲಿದೆ, ಅದು ಎಲ್ಲಿಂದ ಬಂತು ಎಂಬ ಗುರುತು ಕಳಚಿದೆ. ಮರುವರ್ಷ ಲಿಂಡ್ಸೆ ಇನ್ನೂ ಕಠಿಣವಾದ ಪರೀಕ್ಷೆಯನ್ನು ಒಡ್ಡಿದರು. ಆ ಪರೀಕ್ಷೆಯ ಪ್ರಶ್ನೆಗಳಿಗೆ ಸಂಬಂಧಿಸಿದಂತೆ ಕೇಳಿಸಿಕೊಂಡ ವರದಿಯಲ್ಲಿ ಸರಿಯಾದದ್ದು ಏನೂ ಇಲ್ಲ, ಅದನ್ನು ಹೇಳಲೇಬೇಡಿ ಎಂದು ಮುಂಚೆಯೇ ಎಚ್ಚರಿಸಿದರು. ಕಂಡದ್ದನ್ನೂ ವರದಿಯಲ್ಲಿ ಕೇಳಿಸಿಕೊಂಡದ್ದನ್ನೂ ಬೇರ್ಪಡಿಸುವುದು ಕಷ್ಟವಾಗುವಂಥ ಸ್ಥಿತಿಯಲ್ಲಿದ್ದವರು ಎಚ್ಚರಿಕೆಯ ನಂತರವೂ ವರದಿಯ ವಿವರಗಳನ್ನು ಕಂಡದ್ದೆಂದು ಹೇಳಿದರು. ಪರೀಕ್ಷಕರನ್ನು ಮೆಚ್ಚಿಸಲು ಹಾಗೆ ಹೇಳಿದರು ಎಂಬ ವಿವರಣೆಗೆ ಇಲ್ಲಿ ಜಾಗವಿಲ್ಲ.

ಇದಕ್ಕೆ ಮಿತಿಗಳೂ ಇವೆ. 1979ರ ಪ್ರಯೋಗವೊಂದರಲ್ಲಿ ಕಣ್ಣಿಗೆ ಹೊಡೆಯುವ ಕೆಂಪು ಪರ್ಸನ್ನು ಕಂದು ಎಂದು ಸೂಚಿಸಿದಾಗ, ಬಹುತೇಕ ಎಲ್ಲರೂ ಅದನ್ನು ತಳ್ಳಿಹಾಕಿದರು. ಒಳಗೆ ನುಸುಳುವುದು ಹೆಚ್ಚಾಗಿ ಬದಿಯ ವಿವರಗಳು, ಮತ್ತು ಘಟನೆಗೂ ಪ್ರಶ್ನೆಗೂ ನಡುವೆ ದಿನಗಳು ಕಳೆದು ಮೂಲ ನೆನಪು ಮಸುಕಾದಾಗ. ಬೇಗನೆ ಹೇಳಿಕೆ ಪಡೆದರೆ ಸಾಕು ಎಂಬ ಪರಿಹಾರವೂ ಎಲ್ಲರೂ ಅಂದುಕೊಂಡಷ್ಟು ಸರಳವಲ್ಲ. ಘಟನೆಯ ಬಗ್ಗೆ ತಕ್ಷಣವೇ ಪ್ರಶ್ನೆಗಳಿಗೆ ಉತ್ತರಿಸಿದವರು, ನಂತರ ಬಂದ ತಪ್ಪು ಮಾಹಿತಿಗೆ ಇನ್ನೂ ಹೆಚ್ಚಾಗಿ ಬಲಿಯಾಗಬಲ್ಲರು ಎಂದು 2009ರಲ್ಲಿ ಜೇಸನ್ ಚಾನ್ ಮತ್ತು ಸಂಗಡಿಗರು ತೋರಿಸಿದರು. ಒಮ್ಮೆ ಕೇಳಿಸಿಕೊಂಡ ಪ್ರಶ್ನೆಗಳ ಉತ್ತರಗಳೇ ವರದಿಯಲ್ಲಿ ಮತ್ತೆ ಎದುರಾದಾಗ ಗಮನ ಅಲ್ಲಿಗೇ ಹೋಗುತ್ತದೆ ಎಂಬುದು ಅದಕ್ಕೆ ಕೊಡುವ ಒಂದು ವಿವರಣೆ.

ನ್ಯಾಯಾಲಯಗಳಿಗೆ ಈ ಅಪಾಯ ತಿಳಿಯದ್ದೇನಲ್ಲ. ಸಾಕ್ಷಿಯನ್ನು ಕರೆಸಿದ ಪಕ್ಷದವರು ಮುಖ್ಯ ವಿಚಾರಣೆಯಲ್ಲಿ ಸೂಚಕ ಪ್ರಶ್ನೆ ಹಾಕಬಾರದು, ಪಾಟೀ ಸವಾಲಿನಲ್ಲಿ ಹಾಕಬಹುದು ಎಂಬ ನಿಯಮ ಅನೇಕ ದೇಶಗಳಲ್ಲಿ ಹಳೆಯದು. ಆದರೆ ಸಾಕ್ಷಿ ಕಟಕಟೆಗೆ ಬರುವ ಹೊತ್ತಿಗೆ ಅದೇ ಘಟನೆಯ ಬಗ್ಗೆ ಹತ್ತಾರು ಬಾರಿ ಹತ್ತಾರು ಜನರ ಪ್ರಶ್ನೆಗಳಿಗೆ ಉತ್ತರಿಸಿರುತ್ತಾರೆ, ಅಲ್ಲಿಗೆ ಈ ನಿಯಮ ತಲುಪುವುದಿಲ್ಲ. 1980ರ ದಶಕದಲ್ಲಿ ಎಡ್ವರ್ಡ್ ಗೀಸೆಲ್‌ಮನ್ ಮತ್ತು ರೊನಾಲ್ಡ್ ಫಿಷರ್ ರೂಪಿಸಿದ ಸಂದರ್ಶನ ಪದ್ಧತಿ ಮುಟ್ಟಲು ನೋಡಿದ್ದು ಈ ಹಂತವನ್ನೇ. ಅದರಲ್ಲಿ ಸಾಕ್ಷಿಯು ಸ್ಥಳ, ಬೆಳಕು, ಸದ್ದು, ತಮ್ಮ ಆಗಿನ ಮನಸ್ಥಿತಿ ಎಲ್ಲವನ್ನೂ ಮೊದಲು ಮನಸ್ಸಿಗೆ ತಂದುಕೊಂಡು, ಯಾರೂ ಮಧ್ಯೆ ಬಾಯಿ ಹಾಕದಂತೆ ತಮ್ಮ ಮಾತಿನಲ್ಲೇ ಇಡೀ ಘಟನೆಯನ್ನು ಹೇಳುತ್ತಾರೆ. ಪ್ರಶ್ನೆಗಳು ಆಮೇಲೆ ಬರುತ್ತವೆ, ಅವೂ ಸಾಕ್ಷಿಯೇ ಬಳಸಿದ ಪದಗಳನ್ನು ಹಿಡಿದು.

ಹೇಳಿಕೆಯ ಬರಹರೂಪದಲ್ಲಿ ಬಹಳ ಸಲ ಉತ್ತರಗಳು ಮಾತ್ರ ಉಳಿಯುತ್ತವೆ. ‘ರಸ್ತೆಯ ಎಡಬದಿಯಲ್ಲಿ ಗಾಜಿನ ಚೂರುಗಳು ಬಿದ್ದಿದ್ದವು’ ಎಂಬ ಸಾಲನ್ನು ಓದಿದವರಿಗೆ, ಅದಕ್ಕೆ ಮುಂಚೆ ‘ಮುಂದೇನಾಯಿತು?’ ಎಂದು ಕೇಳಲಾಗಿತ್ತೋ ‘ಗಾಜು ಯಾವ ಕಡೆ ಚೆಲ್ಲಿತ್ತು?’ ಎಂದು ಕೇಳಲಾಗಿತ್ತೋ ತಿಳಿಯುವ ಮಾರ್ಗವಿಲ್ಲ. ಸಾಕ್ಷಿಯ ಆತ್ಮವಿಶ್ವಾಸದಿಂದಲೂ ಆಗ ಅದನ್ನು ಪತ್ತೆಹಚ್ಚಲಾಗದು, ಏಕೆಂದರೆ ಎರಡೂ ಸಂದರ್ಭಗಳಲ್ಲಿ ಅವರು ಪ್ರಾಮಾಣಿಕವಾಗಿಯೇ ಹೇಳುತ್ತಿರುತ್ತಾರೆ. ಮೊದಲ ಭೇಟಿಯಿಂದಲೇ ಧ್ವನಿಮುದ್ರಣವಿದ್ದರೆ, ಗಾಜು ಎಂಬ ಪದ ಮೊದಲು ಯಾರ ಬಾಯಿಂದ ಬಂತು ಎಂಬುದನ್ನಾದರೂ ಹಿಂದಕ್ಕೆ ಹೋಗಿ ಕೇಳಿಸಿಕೊಳ್ಳಬಹುದು.